ಗೋಡೆ, ಕಿಟಕಿ ಮತ್ತು ಜಗಲಿ

ದಾಂಪತ್ಯದ ವಿಷಯವಾಗಿ ಹಿತೋಪದೇಶ ಮಾಡುವವರ ನಡುವೆ ಒಂದು ಪುಸ್ತಕವು ಪ್ರಮಾಣಗ್ರಂಥದ ಪದವಿಗೇರಿ ಎರಡು ದಶಕಗಳಾದವು. ಅಮೆರಿಕೆಯ ಮನಃಶಾಸ್ತ್ರಜ್ಞೆ ಶರ್ಲಿ ಗ್ಲಾಸ್ 2003ರಲ್ಲಿ ಪ್ರಕಟಿಸಿದ ‘ನಾಟ್ ಜಸ್ಟ್ ಫ್ರೆಂಡ್ಸ್’ ಎಂಬ ಆ ಗ್ರಂಥವನ್ನು ಓದಿದವರಿಗಿಂತ ಉದ್ಧರಿಸುವವರೇ ನಮ್ಮಲ್ಲಿ ಹೆಚ್ಚೆಂದು ನನಗೆ ತೋರುತ್ತದೆ. ಉದ್ಧರಿಸುವವರೂ ಅದರ ದುರ್ಬಲವಾದ ಭಾಗವನ್ನು ತಲೆಯ ಮೇಲೆ ಹೊತ್ತು, ಬಲವಾದ ಭಾಗವನ್ನು ಹೊಸ್ತಿಲಲ್ಲೇ ಬಿಟ್ಟು ಬಂದಿದ್ದಾರೆ. ಗಂಡನ ಹಳೆಯ ಪ್ರೇಯಸಿ, ಹೆಂಡತಿಯ ಕಚೇರಿಯ ಮಿತ್ರ, ಇವರೊಡನೆ ಬೆಳೆದ ಸಲಿಗೆಯನ್ನು ಎಲ್ಲಿಯವರೆಗೆ ಗೌರವಿಸಬೇಕು, ಎಲ್ಲಿ ಎಲ್ಲೆಯನ್ನು ಹಾಕಬೇಕು ಎಂಬ ಪ್ರಶ್ನೆ ಹಳೆಯದೇ ಆದುದರಿಂದ ಅದರ ಪೀಠಿಕೆ ಇಲ್ಲಿ ಬೇಡ. ಈ ಪ್ರಶ್ನೆಗೆ ಗ್ಲಾಸ್ ಕೊಟ್ಟ ಉತ್ತರದ ಯೋಗ್ಯತೆಯನ್ನು ತೂಗುವುದಷ್ಟೇ ನನ್ನ ಉದ್ದೇಶ.

ಮೊದಲು ದುರ್ಬಲವಾದ ಭಾಗ. ತಮ್ಮ ಬಳಿ ಚಿಕಿತ್ಸೆಗೆ ಬಂದ, ದಾಂಪತ್ಯನಿಷ್ಠೆಯನ್ನು ಮುರಿದ 210 ಮಂದಿಯಲ್ಲಿ ನೂರಕ್ಕೆ 82ರಷ್ಟು ಜನರ ಸಂಬಂಧ ‘ಬರಿಯ ಸ್ನೇಹ’ವಾಗಿಯೇ ಮೊದಲಾಗಿತ್ತು ಎಂದು ಗ್ಲಾಸ್ ಬರೆದಿದ್ದಾರೆ. ಆಪ್ತಸಲಹೆಯ ಅಂಕಣಗಳಲ್ಲಿಯೂ ಮದುವೆಯ ಹಿಂದುಮುಂದಿನ ಉಪನ್ಯಾಸಗಳಲ್ಲಿಯೂ ಈ ಸಂಖ್ಯೆ ಶ್ರುತಿವಾಕ್ಯದಂತೆ ಉದುರುತ್ತದೆ. ಆದರೆ ಆ 82 ಯಾವ ನೂರರ ಪೈಕಿಯದು? ದಾರಿ ತಪ್ಪಿದವರ ನೂರರ ಪೈಕಿಯದೇ ಹೊರತು ಸ್ನೇಹ ಮಾಡಿದವರ ನೂರರ ಪೈಕಿಯದಲ್ಲ. ಉರುಳಿದ ಬಸ್ಸಿನಲ್ಲಿ ಗಾಯಗೊಂಡವರೆಲ್ಲರ ಜೇಬಿನಲ್ಲಿಯೂ ಟಿಕೆಟ್ಟು ಸಿಕ್ಕಿತೆಂದು ಟಿಕೆಟ್ಟು ಕೊಳ್ಳುವುದೇ ಅಪಾಯವೆನ್ನುವ ತರ್ಕಕ್ಕೂ ಇದಕ್ಕೂ ಅಂತರ ಬಹಳವಿಲ್ಲ. ಸ್ನೇಹವಾಗಿ ಹುಟ್ಟಿ ಸ್ನೇಹವಾಗಿಯೇ ಮುಪ್ಪಾದ ಸಂಬಂಧಗಳು ಯಾವ ವೈದ್ಯರ ದಫ್ತರಿಗೂ ಬರುವುದಿಲ್ಲ. ಬಾರದವುಗಳ ಲೆಕ್ಕ ಸಿಕ್ಕದೆ ಬಂದವುಗಳ ಲೆಕ್ಕದಿಂದ ಭಯವೊಂದನ್ನಲ್ಲದೆ ಬೇರೇನನ್ನೂ ಕಟ್ಟಲಾಗದು. ಪರಸ್ಪರ ಪರಿಚಯವೇ ಇಲ್ಲದವರು ಪ್ರಣಯಕ್ಕೆ ಬೀಳುವುದು ವಿರಳವಾದುದರಿಂದ ಈ ಸಂಖ್ಯೆ ಇಷ್ಟು ದೊಡ್ಡದಾಗಿರುವುದರಲ್ಲಿ ಅಚ್ಚರಿಯೂ ಇಲ್ಲ.

ಇನ್ನು ಬಲವಾದ ಭಾಗಕ್ಕೆ ಬರೋಣ. ಗ್ಲಾಸ್ ದಾಂಪತ್ಯವನ್ನು ಒಂದು ಮನೆಯೆಂದು ಭಾವಿಸುತ್ತಾರೆ. ನೆಟ್ಟಗಿರುವ ಮನೆಯಲ್ಲಿ ಗಂಡಹೆಂಡಿರ ನಡುವೆ ಕಿಟಕಿ, ಅವರಿಬ್ಬರಿಗೂ ಹೊರಗಿನ ಲೋಕಕ್ಕೂ ನಡುವೆ ಗೋಡೆ. ಸ್ನೇಹವು ಕೆಡುವ ಹಾದಿಯಲ್ಲಿ ಇವೆರಡೂ ಸದ್ದಿಲ್ಲದೆ ಸ್ಥಾನಪಲ್ಲಟಗೊಳ್ಳುತ್ತವೆ: ಹೊರಗಿನ ಮಿತ್ರನಿಗೆ ಕಿಟಕಿ ತೆರೆಯುತ್ತದೆ, ಒಳಗಿನ ಸಂಗಾತಿಗೆ ಗೋಡೆ ಏಳುತ್ತದೆ. ಈ ರೂಪಕದ ಗುಣವೇನೆಂದರೆ ಅದು ಸ್ನೇಹದ ಗಾಢತೆಯನ್ನು ಅಳೆಯಲು ಹೋಗುವುದಿಲ್ಲ. ದಿನಕ್ಕೆ ಎಷ್ಟು ಸಾರಿ ಮಾತಾಡಿದರು, ಎಷ್ಟು ಹೊತ್ತು ನಕ್ಕರು ಎಂಬ ಎಣಿಕೆಯನ್ನೆಲ್ಲ ಬದಿಗಿಟ್ಟು, ಮನೆಯ ಸುದ್ದಿ ಮೊದಲು ಯಾರಿಗೆ ಮುಟ್ಟುತ್ತಿದೆ, ಯಾರಿಂದ ಏನನ್ನು ಮುಚ್ಚಿಡಲಾಗುತ್ತಿದೆ ಎಂಬೆರಡನ್ನೇ ಅದು ಕೇಳುತ್ತದೆ.

ಈ ರೂಪಕವನ್ನು ನಾನು ಮೆಚ್ಚಿದುದು ಪುಸ್ತಕದಲ್ಲಿ ಓದಿದಾಗಲ್ಲ, ನನ್ನ ಬಳಗದ ಒಂದು ಸಂಸಾರದಲ್ಲಿ ಅದು ನಿಜವಾದುದನ್ನು ಕಂಡಾಗ. ಬ್ಯಾಂಕೊಂದರಲ್ಲಿ ಉದ್ಯೋಗಿಯಾದ ಆತ ಕಾಲೇಜಿನ ದಿನಗಳಲ್ಲಿ ಒಬ್ಬಾಕೆಯನ್ನು ಪ್ರೀತಿಸಿದ್ದನು. ಅದು ಮುರಿದು ಇಬ್ಬರಿಗೂ ಬೇರೆ ಬೇರೆ ಮದುವೆಯಾಗಿತ್ತು. ಎಂಟು ವರ್ಷಗಳ ತರುವಾಯ ಆಕೆ ವರ್ಗವಾಗಿ ಇವನ ಶಾಖೆಗೇ ಬಂದಳು. ಆ ದಿನವೇ ಅವನು ಮನೆಗೆ ಬಂದು ಹೆಂಡತಿಗೆ ಹೇಳಿದನು. ಹೆಂಡತಿಯೂ, ಲೋಕವ್ಯವಹಾರದಲ್ಲಿ ಇಂಥವು ಸಹಜವೆಂದು ಸುಮ್ಮನಾದಳು. ಕೆಲವು ತಿಂಗಳಲ್ಲಿ ಆ ಹಳೆಯ ಗೆಳತಿಯ ತಾಯಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ರಾತ್ರಿ ಒಂಬತ್ತರ ಸುಮಾರಿಗೆ ಫೋನು ಬರಲು ಮೊದಲಾಯಿತು, ಅವನು ಅದನ್ನೆತ್ತಿಕೊಂಡು ತಾರಸಿಗೆ ಹೋಗತೊಡಗಿದನು. ಇದನ್ನೂ ಹೆಂಡತಿ ಸಹಿಸಿದಳು, ಏಕೆಂದರೆ ದುಃಖದಲ್ಲಿರುವವರ ಮಾತಿಗೆ ಮರೆ ಬೇಕಾಗುತ್ತದೆಂಬ ವಿವೇಕ ಅವಳಿಗಿತ್ತು. ಆದರೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಆಕೆ ಇವಳ ಪಕ್ಕದಲ್ಲಿ ಕುಳಿತು, ಕೇವಲ ವಿಶ್ವಾಸದಿಂದ, “ಸೈಟು ಮಾರೋ ವಿಷಯ ಏನಾಯ್ತು? ನಿಮಗೆ ಅಷ್ಟು ಮನಸ್ಸಿಲ್ವಂತೆ” ಎಂದು ಕೇಳಿದಳು. ಸೈಟಿನ ಮೇಲೆ ಗಂಡಹೆಂಡಿರಿಗೆ ಜಗಳವಾಗಿ ಆಗಿನ್ನೂ ನಾಲ್ಕು ದಿನ. ಎಲೆಯ ಮೇಲಿನ ಹೋಳಿಗೆ ಅವಳ ಗಂಟಲಿಳಿಯಲಿಲ್ಲ. ಎಂಟು ವರ್ಷದ ಹಿಂದಿನ ಪ್ರೇಮವಾಗಲಿ ರಾತ್ರಿಯ ಫೋನಾಗಲಿ ಮಾಡದಿದ್ದ ಗಾಯವನ್ನು ಈ ಒಂದು ವಿಶ್ವಾಸದ ಪ್ರಶ್ನೆ ಮಾಡಿತು.

ಗ್ಲಾಸ್ ಅವರ ರೂಪಕವು ಬೆಳಕು ಚೆಲ್ಲುವುದು ಈ ಕ್ಷಣದ ಮೇಲೆಯೇ. ಕಿಟಕಿ ಸ್ಥಳ ಬದಲಿಸಿದುದು ತಾರಸಿಯಲ್ಲಲ್ಲ, ಸೈಟಿನ ಸುದ್ದಿಯಲ್ಲಿ. ಮಿತ್ರೆಯ ತಾಯಿಯ ಕಾಯಿಲೆಯ ಮಾತು ಮಿತ್ರೆಗೆ ಸೇರಿದ್ದು. ಅದಕ್ಕೆ ಬಾಗಿಲು ಹಾಕಿಕೊಂಡರೂ ಹೆಂಡತಿಗೆ ಅನ್ಯಾಯವಿಲ್ಲ. ಸೈಟಿನ ಜಗಳ ಇಬ್ಬರಿಗೆ ಸೇರಿದ್ದು. ಅದನ್ನು ಒಬ್ಬನೇ ಹೊರಗೆ ಕೊಂಡೊಯ್ದಾಗ ಅವನು ಕೊಟ್ಟದ್ದು ತನ್ನ ಪಾಲನ್ನು ಮಾತ್ರವಲ್ಲ. ಸಂಸಾರದ ಅಸಮಾಧಾನಗಳನ್ನು, ಸಂಗಾತಿಯ ಸ್ಥಾನಕ್ಕೆ ಬರಬಹುದಾದವರ ಮುಂದೆ ತೋಡಿಕೊಳ್ಳಬೇಡಿರೆಂದು ಗ್ಲಾಸ್ ಮತ್ತೆ ಮತ್ತೆ ಎಚ್ಚರಿಸುವುದು ಇದಕ್ಕಾಗಿಯೇ. ಆ ಎಚ್ಚರಿಕೆಗೆ ಯಾವ ಅಂಕಿಅಂಶದ ಊರುಗೋಲೂ ಬೇಕಾಗಿಲ್ಲ.

ಆದರೆ ರೂಪಕದಿಂದ ಪರೀಕ್ಷೆಗೆ ಇಳಿದೊಡನೆ ಗ್ರಂಥಕರ್ತೆ ಎಡವುತ್ತಾರೆ. ಸ್ನೇಹವು ಭಾವನಾತ್ಮಕ ವ್ಯಭಿಚಾರವಾಯಿತೆಂದು ತಿಳಿಯಲು ಅವರು ಕೊಡುವ ಲಕ್ಷಣಗಳು ಮೂರು: ಹೃದಯದ ನಿಕಟತೆ, ಗೋಪನ, ದೈಹಿಕ ಆಕರ್ಷಣೆಯ ಸೆಳೆತ. ಹೊಸದಾಗಿ ಪರಿಚಯವಾದ ಸಹೋದ್ಯೋಗಿಯ ವಿಷಯದಲ್ಲಿ ಈ ಮೂರೂ ಒಂದೊಂದಾಗಿ ಸೇರುವುದನ್ನು ಗಮನಿಸಬಹುದು. ಹಳೆಯ ಪ್ರಣಯಿಯ ವಿಷಯದಲ್ಲಾದರೋ ಮೂರನೆಯದಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ, ಒಂದಾನೊಂದು ಕಾಲದ ನಿಕಟತೆಯಿಂದ ಮೊದಲನೆಯದಕ್ಕೂ ಅರ್ಧ ಗುರುತು ಬಿದ್ದಿರುತ್ತದೆ. ಆದುದರಿಂದ ಪರೀಕ್ಷೆ ಪ್ರಾರಂಭವಾಗುವ ಮುನ್ನವೇ ಆರೋಪಿ ಅನುತ್ತೀರ್ಣನಾಗುತ್ತಾನೆ. ಉಳಿಯುವುದು ಗೋಪನವೊಂದೇ. ಹಾಗಿರುವಾಗ ಆ ಒಂದನ್ನೇ ಸೂಕ್ಷ್ಮವಾಗಿ ವಿವರಿಸಬೇಕಿತ್ತು: ಮಿತ್ರೆಯ ಗುಟ್ಟನ್ನು ಕಾಪಾಡುವ ಮೌನ ಬೇರೆ, ತನ್ನ ನಡತೆಯನ್ನು ಮುಚ್ಚುವ ಮೌನ ಬೇರೆ. ಮೊದಲನೆಯದನ್ನು ಸಂಗಾತಿ ಗೌರವಿಸಬೇಕು; ಎರಡನೆಯದು ಕಂಡಲ್ಲಿ ಎಲ್ಲೆಯ ಮಾತು ಎತ್ತಬೇಕು. ಈ ಭೇದವು ಪುಸ್ತಕದಲ್ಲಿ ಸೂಚ್ಯವಾಗಿದೆಯೇ ಹೊರತು ವಾಚ್ಯವಾಗಿಲ್ಲ.

ನಮ್ಮ ಅಂಕಣಕಾರರೊಡನೆ ನನ್ನ ಜಗಳವೂ ಇಲ್ಲಿಯೇ. ಅವರಲ್ಲಿ ಒಂದು ಪಂಗಡ, ಗಂಡಹೆಂಡಿರು ಪರಸ್ಪರರ ಮೊಬೈಲಿನ ಪಾಸ್‌ವರ್ಡನ್ನು ತಿಳಿದಿರಬೇಕು, ಹಳಬರೊಡನೆ ನಂಟು ಪೂರ್ತಿ ಕಡಿಯಬೇಕು ಎಂದು ವಿಧಿಸಿ, ಅದಕ್ಕೆ ಗ್ಲಾಸ್ ಅವರ ಮುದ್ರೆಯೊತ್ತುತ್ತದೆ. ದ್ರೋಹವು ನಡೆದು ಬಯಲಾದ ಮೇಲೆ, ನಂಬಿಕೆಯನ್ನು ಮತ್ತೆ ಕಟ್ಟುವ ಕಾಲದಲ್ಲಿ, ತಪ್ಪಿದವರು ತಮ್ಮ ಹೋಗುಬರವಿನ ಲೆಕ್ಕವನ್ನು ತಾವಾಗಿ ತೆರೆದಿಡಬೇಕೆಂದು ಗ್ಲಾಸ್ ಹೇಳಿದ್ದಾರೆ, ನಿಜ. ಆದರೆ ಮೂಳೆ ಮುರಿದವನಿಗೆ ಕಟ್ಟುವ ಪಟ್ಟಿಯನ್ನು ನಡೆಯುವವನ ಕಾಲಿಗೂ ಕಟ್ಟಿದರೆ ಅವನು ಕುಂಟುವುದು ಪಟ್ಟಿಯಿಂದಲೇ. ಈ ಪಂಗಡದವರಿಗೆ ಒಂದು ಹಳೆಯ ಮಾದರಿಯೂ ಇದೆ. ಕ್ರೈಸ್ತ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಮತ್ತು ಸಂಗಡಿಗರು 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೋದಲ್ಲಿ ಕೂಡಿ ತಮ್ಮ ನಡವಳಿಕೆಗೆ ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡರು; ಹೆಂಡತಿಯಲ್ಲದ ಹೆಂಗಸಿನೊಡನೆ ಏಕಾಂತದಲ್ಲಿರಬಾರದೆಂಬುದು ಅವುಗಳಲ್ಲೊಂದು. ಊರೂರು ತಿರುಗುವ ಪ್ರಚಾರಕರು ತಮಗೆ ತಾವೇ ಹಾಕಿಕೊಂಡ ನಿಯಮವಾಗಿ ಅದು ಗೌರವಾರ್ಹವೇ ಇದ್ದೀತು. ಅದನ್ನೇ ಕಚೇರಿಗೆ ತಂದರೆ, ಮೇಲಧಿಕಾರಿಯೊಡನೆ ಕುಳಿತು ಕಡತ ನೋಡುವ ಅವಕಾಶವು ಗಂಡಸರಿಗೆ ಉಳಿದು ಹೆಂಗಸರಿಗೆ ತಪ್ಪುತ್ತದೆ. ಒಬ್ಬರ ಶೀಲದ ವೆಚ್ಚವನ್ನು ಇನ್ನೊಬ್ಬರ ಸಂಬಳದಿಂದ ಮುರಿದುಕೊಂಡಂತಾಗುತ್ತದೆ.

ಎರಡನೆಯ ಪಂಗಡದವರು ಇದಕ್ಕೆ ವಿರುದ್ಧವಾಗಿ, ಅಸೂಯೆಯೆಲ್ಲವೂ ಆತ್ಮವಿಶ್ವಾಸದ ಕೊರತೆಯೆಂದು ಸಾರಿ ನೊಂದವರನ್ನೇ ಚಿಕಿತ್ಸೆಗೆ ಅಟ್ಟುತ್ತಾರೆ. ಊಟದ ಪಂಕ್ತಿಯಲ್ಲಿ ಕುಳಿತಿದ್ದ ಆ ಹೆಣ್ಣುಮಗಳಿಗೆ ಇವರು ಹೇಳುವುದೇನು? ಅವಳಿಗೆ ಕೊರತೆಯಾದುದು ಆತ್ಮವಿಶ್ವಾಸವಲ್ಲ, ತನ್ನ ಮನೆಯ ಸುದ್ದಿ.

ಅವಳು ಮೊದಲು ಪಾಲಿಸಿದ್ದು ಮೊದಲ ಪಂಗಡದ ಉಪದೇಶವನ್ನೇ. “ನಾಳೆಯಿಂದ ಆಕೆ ಜೊತೆ ಮಾತೇ ಬೇಡ” ಎಂದಳು. ಒಂದೇ ಶಾಖೆಯಲ್ಲಿ ಎರಡು ಮೇಜಿನಾಚೆ ಕುಳಿತವರು ಮಾತೇ ಆಡದಿರುವುದು ಸಾಧ್ಯವೇ ಇರಲಿಲ್ಲ. ಅವನು ಅದನ್ನು ಅವಮಾನವೆಂದು ಬಗೆದನು, ತಾರಸಿಯ ಮಾತು ಕಚೇರಿಯ ಮೊಗಸಾಲೆಗೆ ಹೋಯಿತು, ಮನೆಯಲ್ಲಿ ಗೋಡೆ ಇನ್ನೊಂದು ಸಾಲು ಮೇಲೇರಿತು. ಅಂಕುಶವು ಎಲ್ಲೆಯ ವೇಷದಲ್ಲಿ ಬಂದಾಗ ಆಗುವುದು ಹೀಗೆಯೇ: ಮರೆಮಾಚುವಿಕೆ ಕಡಮೆಯಾಗುವ ಬದಲು ಚತುರವಾಗುತ್ತದೆ. ಎರಡು ತಿಂಗಳ ಮೇಲೆ ಅವಳು ಮಾತನ್ನು ತಿರುಗಿಸಿದಳು: “ಅವರಮ್ಮನ್ನ ನೋಡೋಕೆ ನಾನೂ ಬರ್ತೀನಿ. ಫೋನು ನೀವು ಮಾಡ್ಕೊಳ್ಳಿ. ನಮ್ಮಿಬ್ಬರ ಜಗಳ ಮಾತ್ರ ನಮ್ಮಿಬ್ಬರಲ್ಲೇ ಇರಲಿ. ಅದು ಮತ್ತೆ ನನಗೆ ಬೇರೆಯವರ ಬಾಯಲ್ಲಿ ಕೇಳಿಬಂದರೆ, ದುಡ್ಡುಕಾಸಿನ ವಿಷಯ ನಾನು ನಿಮ್ಮ ಹತ್ತಿರ ಮನಸ್ಸು ಬಿಚ್ಚಿ ಆಡೋಳಲ್ಲ.” ಮೊದಲ ಮಾತು ಅವನು ಏನು ಮಾಡಬಾರದೆಂಬ ಆಜ್ಞೆ, ಎರಡನೆಯದು ತನಗೆ ಸೇರಿದ್ದು ಯಾವುದು, ಅದನ್ನು ಮೀರಿದರೆ ತಾನು ಏನು ಮಾಡುವೆನು ಎಂಬ ನಿವೇದನೆ. ಎಲ್ಲೆಯೆಂಬುದು ಈ ಎರಡನೆಯದೇ. ಹಳೆಯ ಪ್ರಣಯಿಯನ್ನು ಕಾಣುವಾಗ ಸಂಗಾತಿಯನ್ನೂ ಕರೆದೊಯ್ಯಿರೆಂದು ಗ್ಲಾಸ್ ಹೇಳುವುದನ್ನು ಅವಳು ಓದದೆಯೇ ಕಂಡುಕೊಂಡಿದ್ದಳು.

ಗ್ಲಾಸ್ ಅವರ ಮನೆಯಲ್ಲಿ ಇಲ್ಲದ, ನಮ್ಮ ಹಳೆಯ ಮನೆಗಳಲ್ಲಿ ಇದ್ದ ಒಂದು ಅಂಗ ಇಲ್ಲಿ ನೆನಪಾಗುತ್ತದೆ. ಅವರ ರೂಪಕಕ್ಕೆ ಒಳಗು, ಹೊರಗು ಎಂಬೆರಡೇ ಗೊತ್ತು. ನಮ್ಮ ಮನೆಗೆ ಜಗಲಿಯಿತ್ತು; ಬಂದವರು ಅಲ್ಲಿ ಕುಳಿತು ಗಂಟೆಗಟ್ಟಲೆ ಮಾತಾಡಿ, ನೀರು ಬೆಲ್ಲ ಸೇವಿಸಿ, ಕಷ್ಟ ಹೇಳಿಕೊಂಡು ಹೋಗುತ್ತಿದ್ದರು. ಅದು ಬೀದಿಯೂ ಅಲ್ಲ, ನಡುಮನೆಯೂ ಅಲ್ಲ. ಅಲ್ಲಿ ಆಡಿದ್ದು ಒಳಗಿನವರ ಕಿವಿಗೆ ಬಿದ್ದರೂ ಬಿದ್ದೀತೆಂಬ ಅರಿವು ಮಾತಾಡುವವರಿಗೆ ಇರುತ್ತಿತ್ತು, ಆದರೂ ಯಾರೂ ಬಾಗಿಲ ಸಂದಿಯಲ್ಲಿ ನಿಂತು ಕೇಳಬೇಕಾಗಿರಲಿಲ್ಲ. ಸಂಗಾತಿಯ ಹಳೆಯ ಸ್ನೇಹಕ್ಕೆ ಬೇಕಾದ ಸ್ಥಳ ಇದೇ. ಗೋಡೆಯ ಕಲ್ಪನೆಯೊಂದನ್ನೇ ನೆಚ್ಚಿದ ಕಾರಣ ಪುಸ್ತಕವು ಸ್ನೇಹವನ್ನು ಬಹುಮಟ್ಟಿಗೆ ಮುತ್ತಿಗೆಯೆಂದೇ ಕಾಣುತ್ತದೆ. ಇದು ಅದರ ಮುಖ್ಯ ದೋಷ. ಕಿಟಕಿ ಎಲ್ಲಿರಬೇಕೆಂದು ತೋರಿಸಿದುದು ಮುಖ್ಯ ಗುಣ. ಸಂಖ್ಯೆಗಳನ್ನು ದಾಟಿ ಓದುವವರಿಗೆ ಅದು ಇನ್ನೂ ಉಪಯುಕ್ತ ಗ್ರಂಥ. ಸಂಖ್ಯೆಗಳಿಗಾಗಿ ಓದುವವರಿಗೆ ಅಪಾಯಕರ.

ಆ ಸಂಸಾರ ಪೂರ್ತಿ ತಿಳಿಯಾಯಿತೆಂದು ನಾನು ಹೇಳಲಾರೆ. ಅವನ ಮುನಿಸು ಇಳಿಯಲು ಮಳೆಗಾಲವೆಲ್ಲ ಹಿಡಿಯಿತು, ಸೈಟು ಇನ್ನೂ ಮಾರಾಟವಾಗಿಲ್ಲ. ಕಳೆದ ಸಲ ನಾನು ಹೋಗಿದ್ದಾಗ ಒಂಬತ್ತಕ್ಕೆ ಫೋನು ಬಂತು. ಅವನು ಕುಳಿತಲ್ಲಿಂದ ಏಳದೆ ಅದನ್ನೆತ್ತಿ, “ಅಮ್ಮ ಹೇಗಿದ್ದಾರೆ?” ಎಂದನು. ಹೆಂಡತಿ ಮಡಿಚುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು, ತಾನಾಗಿಯೇ ಎದ್ದು ಅಡಿಗೆಮನೆಗೆ ಹೋದಳು.