ಬಾಕಿದಾರನಿಗೆ ಒಲಿದ ಕಲಂ

ಸಿರುಗುಪ್ಪ ಸೀಮೆಯ ಅಕ್ಕಿ ವ್ಯಾಪಾರ ಉದ್ರಿಯ ಮೇಲೆಯೇ ನಿಂತಿದೆ. ತುಂಗಭದ್ರಾ ಕಾಲುವೆಯ ಭತ್ತ ಇಲ್ಲಿನ ಮಿಲ್ಲುಗಳಲ್ಲಿ ಅಕ್ಕಿಯಾಗಿ ಲಾರಿ ಏರುತ್ತದೆ, ದುಡ್ಡು ಮಾತ್ರ ತಿಂಗಳು ಒಂದೂವರೆ ತಿಂಗಳು ಬಿಟ್ಟು ಬರುತ್ತದೆ. ಈ ವ್ಯಾಪಾರ ಮಾಡುವವರಲ್ಲಿ ಅಣ್ಣ, ತಮ್ಮ, ಭಾವಮೈದುನ ಸೇರಿ ಕಟ್ಟಿದ ಫರ್ಮುಗಳು ಬಹಳ. ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ ಬರೆಸಿ, ಪ್ಯಾನ್ ಕಾರ್ಡ್ ಮಾಡಿಸಿ, ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ತೆರೆದು, ಜಿಎಸ್‌ಟಿ ನಂಬರು ಪಡೆದ ಮೇಲೆ ಫರ್ಮು ರಿಜಿಸ್ಟರ್ ಆಯಿತೆಂದೇ ಎಲ್ಲರ ಎಣಿಕೆ. ಅದು ಆಗಿರುವುದಿಲ್ಲ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ನೋಂದಣಿ ಎಂದು ಹೇಳುವುದು ಒಂದನ್ನೇ: ಫರ್ಮುಗಳ ರಿಜಿಸ್ಟ್ರಾರ್ ಇಟ್ಟಿರುವ ರಿಜಿಸ್ಟರಿನಲ್ಲಿ ಫರ್ಮಿನ ಹೆಸರು ಮತ್ತು ಪಾಲುದಾರರ ಹೆಸರು ಏರುವುದು. ಉಳಿದ ಯಾವ ಸರ್ಕಾರಿ ಕಾಗದವೂ ಇದರ ಜಾಗಕ್ಕೆ ಬರುವುದಿಲ್ಲ.

ಇದು ಗೊತ್ತಾಗುವುದು ಬಾಕಿ ಕೆಟ್ಟಾಗ. ದೇಶನೂರಿನ ಮೂವರು ಪಾಲುದಾರರ ಒಂದು ಫರ್ಮನ್ನು ಕಲ್ಪಿಸಿಕೊಳ್ಳೋಣ. 2022ರ ಜೂನ್ 10ರಂದು ಅವರು ಬೆಂಗಳೂರಿನ ಒಬ್ಬ ಸಗಟು ವ್ಯಾಪಾರಿಗೆ 80 ಕ್ವಿಂಟಲ್ ಸೋನಾ ಮಸೂರಿ ಕಳಿಸುತ್ತಾರೆ. 25 ಕೆಜಿಯ 320 ಚೀಲ, ಕ್ವಿಂಟಲಿಗೆ 3,500 ರೂಪಾಯಿಯಂತೆ 2,80,000 ರೂಪಾಯಿಯ ಬಿಲ್ಲು, 30 ದಿನದ ವಾಯಿದೆ. ತೂಕದ ಚೀಟಿ ಇದೆ, ಲಾರಿ ರಸೀದಿ ಇದೆ, ಮಾಲು ಮುಟ್ಟಿದ್ದಕ್ಕೆ ಸಹಿ ಇದೆ. ದುಡ್ಡು ಮಾತ್ರ ಬರುವುದಿಲ್ಲ. ಫೋನು ಮಾಡುತ್ತ, ಮಧ್ಯಸ್ಥರನ್ನು ಕಳಿಸುತ್ತ ಎರಡೂವರೆ ವರ್ಷ ಕಳೆದು 2025ರ ಮಾರ್ಚಿನಲ್ಲಿ ದಾವೆ ಹೂಡುತ್ತಾರೆ. ಜೂನ್ ಕೊನೆಗೆ ಪ್ರತಿವಾದಿಯ ಲಿಖಿತ ಹೇಳಿಕೆ ಬರುತ್ತದೆ. ಅಕ್ಕಿ ಬಂದಿಲ್ಲವೆಂದಾಗಲಿ, ನುಚ್ಚು ಹೆಚ್ಚಿತ್ತೆಂದಾಗಲಿ ಅದರಲ್ಲಿಲ್ಲ. ಇರುವುದು ಒಂದೇ ಸಾಲು: ವಾದಿ ಫರ್ಮು ನೋಂದಣಿಯಾಗಿಲ್ಲ, ಕಲಂ 69(2)ರ ಪ್ರಕಾರ ದಾವೆ ನಡೆಯಲು ಅರ್ಹವಲ್ಲ.

ಆ ಒಂದು ಸಾಲಿಗೆ ದಾವೆ ಬಿದ್ದುಹೋಗುತ್ತದೆ. ಒಪ್ಪಂದದಿಂದ ಹುಟ್ಟಿದ ಹಕ್ಕಿಗಾಗಿ ಹೊರಗಿನವರ ಮೇಲೆ ಫರ್ಮು ದಾವೆ ಹೂಡಬೇಕಾದರೆ ಹೂಡುವ ದಿನ ಎರಡು ಸಂಗತಿ ಇರಬೇಕೆಂದು ಕಲಂ ಹೇಳುತ್ತದೆ. ಫರ್ಮು ನೋಂದಣಿಯಾಗಿರಬೇಕು. ದಾವೆ ಹೂಡುವವರ ಹೆಸರು ಪಾಲುದಾರರೆಂದು ರಿಜಿಸ್ಟರಿನಲ್ಲಿ ಇರಬೇಕು. ದಾವೆ ನಡೆಯುತ್ತಿರುವಾಗ ಓಡಿಹೋಗಿ ನೋಂದಣಿ ಮಾಡಿಸಿ ಪ್ರಮಾಣಪತ್ರ ತಂದು ಒಪ್ಪಿಸಿದರೂ ಹೂಡಿದ ದಿನದ ದೋಷ ಅಳಿಯುವುದಿಲ್ಲ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮತ್ತು ಕೊಚ್ಚರ್ ಕನ್‌ಸ್ಟ್ರಕ್ಷನ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತಪಡಿಸಿದೆ.

ಹಾಗಾದರೆ ಈಗ ನೋಂದಣಿ ಮಾಡಿಸಿ ಹೊಸ ದಾವೆ ಹಾಕಬಹುದಲ್ಲ? ಹಾಕಬಹುದು, ಸಾಲವೇನೂ ಸತ್ತಿಲ್ಲ. ಸತ್ತಿರುವುದು ಸಮಯ. ವಾಯಿದೆ ಮುಗಿದದ್ದು 2022ರ ಜುಲೈ 10ರಂದು, ಅಲ್ಲಿಂದ ಮೂರು ವರ್ಷವೆಂದರೆ 2025ರ ಜುಲೈ 10. ಮೊದಲ ದಾವೆಯನ್ನು ಕೋರ್ಟಿನ ಅನುಮತಿಯಿಂದ ಹಿಂದೆಗೆದುಕೊಂಡು ಎರಡನೆಯದನ್ನು ಹೂಡಿದರೆ, ಮೊದಲನೆಯದು ಇರಲೇ ಇಲ್ಲವೆಂಬಂತೆ ಕಾಲವನ್ನು ಎಣಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶ ಹೇಳುತ್ತದೆ. ತಪ್ಪು ದಾರಿಯಲ್ಲಿ ಕಳೆದ ಕಾಲವನ್ನು ಬಿಟ್ಟುಕೊಡುವ ಕಾಲಮಿತಿ ಕಾಯ್ದೆಯ 14ನೇ ಕಲಂ ಇಲ್ಲಿ ನೆರವಿಗೆ ಬರುತ್ತದೆಯೇ ಎಂಬುದರಲ್ಲಿ ಹೈಕೋರ್ಟುಗಳಿಗೆ ಒಮ್ಮತವಿಲ್ಲ. ಬಾಕಿ ಒಪ್ಪಿ ಸಹಿ ಹಾಕಿದ ಒಂದು ಪತ್ರ ಜುಲೈ 10ರೊಳಗಿನ ತಾರೀಖಿನದು ಇದ್ದರೆ ಹೊಸ ಮೂರು ವರ್ಷ ಸಿಗುತ್ತದೆ. ಇಲ್ಲದಿದ್ದರೆ 320 ಚೀಲ ಅಕ್ಕಿ ಬೆಂಗಳೂರಿನಲ್ಲಿ ಉಂಡು ಮುಗಿದ ಲೆಕ್ಕ. ಜಾಣ ಪ್ರತಿವಾದಿ ಈ ತಕರಾರನ್ನು ಗಡುವು ಹತ್ತಿರವಾಗುವ ತನಕ ಎತ್ತದೆ ಕೂರುವುದು ಸಹಜ.

ಇಷ್ಟು ಕಟುವಾದ ನಿಯಮ ಯಾಕೆ ಬಂತು? ಇಂಗ್ಲೆಂಡಿನಲ್ಲಿ 1916ರ ಕಾನೂನು ವ್ಯಾಪಾರದ ಹೆಸರುಗಳ ನೋಂದಣಿಯನ್ನು ಕಡ್ಡಾಯ ಮಾಡಿ ತಪ್ಪಿದವರಿಗೆ ದಂಡ ಇಟ್ಟಿತ್ತು. ಇಲ್ಲಿ ಕಾಯ್ದೆ ಬರೆದವರಿಗೆ ಸಣ್ಣಪುಟ್ಟ ಫರ್ಮುಗಳಿಗೆಲ್ಲ ದಂಡ ಹಾಕುವುದು ಅತಿಯೆನಿಸಿತು. ಫರ್ಮಿನ ಜೊತೆ ವ್ಯವಹರಿಸಿದ ಹೊರಗಿನವರಿಗೂ ರಕ್ಷಣೆ ಬೇಕಿತ್ತು, ಏಕೆಂದರೆ ಸಾಲ ಕೇಳಲು ಹೋದಾಗ ಒಬ್ಬೊಬ್ಬರೂ ‘ನಾನು ಪಾಲುದಾರನೇ ಅಲ್ಲ’ ಎಂದು ಜಾರಿಕೊಳ್ಳುತ್ತಿದ್ದರು. ಅದಕ್ಕೆ ಕಂಡುಕೊಂಡ ನಡುದಾರಿಯೇ ಇದು: ನೋಂದಣಿ ನಿಮ್ಮಿಚ್ಛೆ, ಮಾಡಿಸದಿದ್ದರೆ ಕೋರ್ಟು ನಿಮಗಿಲ್ಲ. ಕಾಯ್ದೆ 1932ರ ಅಕ್ಟೋಬರ್ 1ರಂದು ಜಾರಿಗೆ ಬಂದರೂ ಈ ಒಂದು ಕಲಮಿಗೆ ಇನ್ನೊಂದು ವರ್ಷ ಬಿಡುವು ಕೊಟ್ಟಿದ್ದರು.

ಕಾಯಿಲೆ ನಿಜವಾಗಿತ್ತು, ಮದ್ದು ಮಾತ್ರ ಬೇರೆಯವರಿಗೆ ಹೋಯಿತು ಎಂಬುದು ನನ್ನ ತಕರಾರು. ರಕ್ಷಣೆ ಬೇಕಾದದ್ದು ಫರ್ಮಿಗೆ ಸಾಲ ಕೊಟ್ಟವನಿಗೆ. ಅವನು ನೋಂದಣಿಯಾಗದ ಫರ್ಮಿನ ಮೇಲೂ ದಾವೆ ಹೂಡಬಹುದು, ಅದಕ್ಕೆ ಅಡ್ಡಿಯಿಲ್ಲ. ಆದರೆ ಪಾಲುದಾರರು ಯಾರೆಂದು ಹುಡುಕುವ ಕಷ್ಟ ಅವನಿಗೆ ಹಾಗೇ ಉಳಿದಿದೆ. ಲಾಭವಾದದ್ದು ಫರ್ಮಿನಿಂದ ಮಾಲು ಪಡೆದು ದುಡ್ಡು ಕೊಡದವನಿಗೆ. ಪಾಲುದಾರರು ಯಾರೆಂಬ ಗೊಂದಲದಿಂದ ಅವನಿಗೆ ಕಾಸಿನ ನಷ್ಟವೂ ಆಗಿಲ್ಲ. ನಮ್ಮ ಉದಾಹರಣೆಯ ಬೆಂಗಳೂರಿನ ವ್ಯಾಪಾರಿಗೆ ಮೂವರ ಹೆಸರೂ ಗೊತ್ತು. ಗೊತ್ತಿಲ್ಲದಿದ್ದರೆ ಜಿಎಸ್‌ಟಿ ನೋಂದಣಿ ಪತ್ರದ ಅನುಬಂಧದಲ್ಲಿ ಪಾಲುದಾರರ ಹೆಸರು ಇದ್ದೇ ಇದೆ. 1932ರಲ್ಲಿ ಅಂಥ ದಾಖಲೆ ಇರಲಿಲ್ಲ, ಆದ್ದರಿಂದ ರಿಜಿಸ್ಟ್ರಾರರ ಪುಸ್ತಕಕ್ಕೆ ಅಷ್ಟು ತೂಕ ಕೊಟ್ಟದ್ದಕ್ಕೆ ಅರ್ಥವಿತ್ತು. ಕಾಲ ಎಷ್ಟು ಸರಿದಿದೆ ಎಂಬುದಕ್ಕೆ ಅದೇ ಕಲಮಿನ ವಿನಾಯಿತಿ ನೋಡಿ: ಸಣ್ಣ ದಾವೆಗಳನ್ನು ಈ ನಿಷೇಧದಿಂದ ಬಿಡಲು ಕಾಯ್ದೆ ಬರೆದಾಗ ಇಟ್ಟ ಮಿತಿ 100 ರೂಪಾಯಿ. ಇವತ್ತು ಆ ಮಿತಿಯೊಳಗೆ ನಮ್ಮ ಅಕ್ಕಿ ಮೂರು ಕಿಲೋ ಕೂಡ ಬರುವುದಿಲ್ಲ.

ನ್ಯಾಯಾಲಯಗಳು ಈ ಕಲಮಿನ ಅಂಚುಗಳನ್ನು ಕತ್ತರಿಸುತ್ತ ಬಂದಿವೆ. 2000ದ ಹಲ್ದಿರಾಂ ಭುಜಿಯಾವಾಲಾ ಪ್ರಕರಣದಲ್ಲಿ, ತನ್ನ ವ್ಯಾಪಾರದ ಗುರುತನ್ನು ಬೇರೆಯವರು ಬಳಸದಂತೆ ತಡೆಯಲು ನೋಂದಣಿಯಾಗದ ಫರ್ಮೂ ದಾವೆ ಹೂಡಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಆ ಹಕ್ಕು ಒಪ್ಪಂದದಿಂದ ಹುಟ್ಟಿದ್ದಲ್ಲ. ಫರ್ಮು ತನ್ನ ವ್ಯಾಪಾರದ ನಡುವೆ ಪ್ರತಿವಾದಿಯೊಡನೆಯೇ ಮಾಡಿಕೊಂಡ ಒಪ್ಪಂದಕ್ಕೆ ಮಾತ್ರ ನಿಷೇಧ ತಟ್ಟುತ್ತದೆ. 2022ರ ಶಿವ್ ಡೆವಲಪರ್ಸ್ ತೀರ್ಪು ಅದೇ ದಾರಿಯಲ್ಲಿ ನಡೆಯಿತು. ಒಳ್ಳೆಯ ತೀರ್ಪುಗಳೇ. ಆದರೆ ಉದ್ರಿ ಕೊಟ್ಟ ವ್ಯಾಪಾರಿಯ ಕಡೆಯಿಂದ ಓದಿದರೆ ಅವುಗಳಲ್ಲಿ ಅವನಿಗೇನೂ ಇಲ್ಲ. ವ್ಯಾಪಾರದ ನಡುವೆ, ಪ್ರತಿವಾದಿಯ ಜೊತೆಗೇ ಆದ ಒಪ್ಪಂದವೆಂದರೆ ಅವನ ಬಿಲ್ಲೇ. ಚೀಲದ ಮೇಲಿನ ಹೆಸರನ್ನು ಯಾರಾದರೂ ಕದ್ದರೆ ಕೋರ್ಟು ಕೇಳುತ್ತದೆ, ಚೀಲದೊಳಗಿನ ಅಕ್ಕಿಯ ದುಡ್ಡು ಕೊಡದಿದ್ದರೆ ಕೇಳುವುದಿಲ್ಲ.

ನೋಂದಣಿ ಮಾಡಿಸಿಕೊಂಡವರೂ ಕ್ಷೇಮವಾಗಿಲ್ಲ ಎಂಬುದು ಈ ಕಲಮಿನ ಇನ್ನೂ ಕೆಟ್ಟ ಮುಖ. ಶ್ರೀರಾಂ ಫೈನಾನ್ಸ್ ಕಾರ್ಪೊರೇಷನ್ ಮತ್ತು ಯಾಸೀನ್ ಖಾನ್ ನಡುವಿನ, 1989ರಲ್ಲಿ ತೀರ್ಮಾನವಾದ ಪ್ರಕರಣದಲ್ಲಿ ಫರ್ಮು ನೋಂದಣಿಯಾಗಿತ್ತು. ದಾವೆಯ ದಿನಕ್ಕೆ ರಿಜಿಸ್ಟರಿನಲ್ಲಿದ್ದ ಇಬ್ಬರು ಪಾಲುದಾರರಾಗಿ ಉಳಿದಿರಲಿಲ್ಲ, ಹೊಸಬರೊಬ್ಬರು ಸೇರಿದ್ದರು, ಇಬ್ಬರು ಅಪ್ರಾಪ್ತರನ್ನು ಲಾಭಕ್ಕೆ ಸೇರಿಸಿಕೊಂಡಿದ್ದರು. ಬದಲಾವಣೆಯನ್ನು ರಿಜಿಸ್ಟ್ರಾರರಿಗೆ ತಿಳಿಸಿರಲಿಲ್ಲ. ದಾವೆ ಹೂಡಿದವರ ಹೆಸರು ರಿಜಿಸ್ಟರಿನಲ್ಲಿಲ್ಲ ಎಂಬ ಕಾರಣಕ್ಕೆ ದಾವೆ ನಿಲ್ಲಲಿಲ್ಲ. ಕಲಮಿನ ಅಕ್ಷರಕ್ಕೆ ತೀರ್ಪು ಸರಿಯೇ. ಆದರೆ ಬದಲಾವಣೆ ತಿಳಿಸುವ 63ನೇ ಕಲಂ ‘ತಿಳಿಸಬಹುದು’ ಎನ್ನುತ್ತದೆಯೇ ಹೊರತು ‘ತಿಳಿಸಲೇಬೇಕು’ ಎನ್ನುವುದಿಲ್ಲ. ಕಡ್ಡಾಯವಲ್ಲದ ಕೆಲಸವನ್ನು ಬಿಟ್ಟದ್ದಕ್ಕೆ ಬಾಕಿಯೇ ಹೋಗುವುದನ್ನು ಶಿಕ್ಷೆಯೆಂದು ಕರೆಯದೆ ಏನೆನ್ನಬೇಕೋ ತಿಳಿಯದು. ನಮ್ಮ ಕಡೆ ಇದು ಆಗುವುದು ಹೀಗೆ: ಹಿರಿಯರು ತೀರಿಕೊಳ್ಳುತ್ತಾರೆ, ಮಗ ಗದ್ದುಗೆಗೆ ಬರುತ್ತಾನೆ, ಹೊಸ ಪಾಲು ಪತ್ರ ಬರೆಸಿ ಬ್ಯಾಂಕಿಗೂ ಜಿಎಸ್‌ಟಿಗೂ ಕೊಡುತ್ತಾರೆ. ರಿಜಿಸ್ಟರಿನಲ್ಲಿ ಅಪ್ಪನ ಹೆಸರೇ ಉಳಿದಿರುತ್ತದೆ. ದಾವೆಗೆ ಮುಂಚೆ ರಿಜಿಸ್ಟರಿನ ದೃಢೀಕೃತ ಪ್ರತಿ ತೆಗೆಸಿ ಇವತ್ತಿನ ಪಾಲು ಪತ್ರದ ಪಕ್ಕದಲ್ಲಿಟ್ಟು ಹೆಸರು ಹೆಸರಾಗಿ ನೋಡಿದರೆ ಈ ಬಿರುಕು ಕಾಣುತ್ತದೆ. ಹಳೆಯ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿ ಗೋಡೆಗೆ ತೂಗುಹಾಕಿದ್ದರೆ ಕಾಣುವುದಿಲ್ಲ.

ನೋಂದಣಿ ದುಬಾರಿಯಲ್ಲ, ಮಾಡಿಸದೆ ಕೂತವರ ಮೇಲೆ ಕನಿಕರವೇಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಪಾಲುದಾರರೆಲ್ಲರ ಸಹಿಯಿರುವ ಹೇಳಿಕೆಯಲ್ಲಿ ಫರ್ಮಿನ ಹೆಸರು, ವ್ಯಾಪಾರದ ಸ್ಥಳ, ಯಾರು ಯಾವತ್ತು ಸೇರಿದರು, ಅವರ ವಿಳಾಸ, ಅವಧಿ ಬರೆದು ಶುಲ್ಕ ಕಟ್ಟಿದರೆ ಮುಗಿಯಿತು, ಅದನ್ನೂ ಮಾಡದವರು ಸೋಮಾರಿಗಳೇ. ಆದರೆ ಸೋಮಾರಿತನಕ್ಕೆ ದಂಡ ಸಾಲದೆ? ನಾವು ನೋಡಿ ಕಲಿತ ಇಂಗ್ಲೆಂಡೇ 1916ರ ಕಾನೂನಿನಲ್ಲಿ, ಅಚಾತುರ್ಯದಿಂದ ತಪ್ಪಿದವನಿಗೆ ಕೋರ್ಟು ವಿನಾಯಿತಿ ಕೊಡಬಹುದೆಂದು ಬರೆದಿತ್ತು. ನಾವು ಕಾಯಿದೆಯ ಹೊರೆಯನ್ನು ತಂದೆವು, ಆ ಕಿಂಡಿಯನ್ನು ತರಲಿಲ್ಲ. 1985ರ ಅವರ ವ್ಯಾಪಾರನಾಮ ಕಾನೂನು ಇನ್ನೂ ಮುಂದೆ ಹೋಗಿ, ವಾದಿಯ ಈ ತಪ್ಪಿನಿಂದ ತನಗೆ ಹಣದ ನಷ್ಟವಾಯಿತು ಅಥವಾ ತನ್ನ ಹಕ್ಕನ್ನು ಸಾಧಿಸಲಾಗಲಿಲ್ಲ ಎಂದು ತೋರಿಸುವ ಹೊಣೆಯನ್ನು ಪ್ರತಿವಾದಿಯ ಮೇಲೆ ಹಾಕಿತು. ಆ ಒಂದು ಪ್ರಶ್ನೆಯನ್ನು 69ನೇ ಕಲಮಿಗೆ ಸೇರಿಸಿದರೆ ಕಾಯ್ದೆಯ ಮೂಲ ಉದ್ದೇಶವೂ ಉಳಿಯುತ್ತದೆ, ಬಾಕಿದಾರನ ನೆಪವೂ ತಪ್ಪುತ್ತದೆ.

ಕಾಯ್ದೆ ಬದಲಾಗುವ ತನಕ ಕಾಯಲಾಗದವರು ಬಳಸುವ ದಾರಿಗಳೂ ಇವೆ. ಬಾಕಿಗೆ ಕೊಟ್ಟ ಚೆಕ್ಕು ವಾಪಸಾಗಿದ್ದರೆ ಅದರ ಮೇಲಿನ ದೂರು ಕ್ರಿಮಿನಲ್ ಪ್ರಕರಣ, ಒಪ್ಪಂದದ ಹಕ್ಕಿನ ದಾವೆಯಲ್ಲ. ಕರ್ನಾಟಕ ಹೈಕೋರ್ಟು ಬೀಕನ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಈ ನಿಷೇಧ ಅಲ್ಲಿಗೆ ಅನ್ವಯಿಸದೆಂದಿದೆ. ಆದರೆ ಬ್ಯಾಂಕಿನ ಚೀಟಿ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ಬಿಲ್ಲಿನಲ್ಲಿ ಪಂಚಾಯ್ತಿ ಷರತ್ತಿದ್ದು ವಿಷಯ ಪಂಚಾಯ್ತಿದಾರರ ಮುಂದೆ ನಡೆದರೆ, ಅದು ಕಲಮಿನ ‘ಇತರ ನಡವಳಿಕೆ’ಗೆ ಸೇರದೆಂದು 2016ರ ಉಮೇಶ್ ಗೋಯಲ್ ತೀರ್ಪು ಹೇಳುತ್ತದೆ.

ಮೂರನೆಯ ದಾರಿ ಕಲಮಿನೊಳಗೇ ಇದೆ, ಅದೇ ಎಲ್ಲಕ್ಕಿಂತ ವಿಚಿತ್ರ. ವಿಸರ್ಜನೆಯಾದ ಫರ್ಮಿನ ಆಸ್ತಿಯನ್ನು ವಸೂಲಿ ಮಾಡುವ ಹಕ್ಕಿಗೆ ನಿಷೇಧ ತಟ್ಟದೆಂದು 69(3) ಹೇಳುತ್ತದೆ, ಹೊರಗಿನಿಂದ ಬರಬೇಕಾದ ಬಾಕಿಯೂ ಆಸ್ತಿಯೇ ಎಂದು ಹಲವು ಹೈಕೋರ್ಟುಗಳು ಒಪ್ಪಿವೆ. ಬದುಕಿರುವ ಫರ್ಮು ಕೇಳಲಾಗದ ದುಡ್ಡನ್ನು ಮುಚ್ಚಿದ ಫರ್ಮು ಕೇಳಬಹುದು! ಹಾಗಾಗಿ ದೇಶನೂರಿನ ಮೂವರಿಗೆ ವಕೀಲರು ವ್ಯಾಪಾರ ಮುಚ್ಚಿ ದಾವೆ ಹೂಡಿ ಎಂದು ಸಲಹೆ ಕೊಟ್ಟರೆ ಅದು ಕಾನೂನಿಗೆ ಹೊಂದುವ ಸಲಹೆಯೇ. ಆದರೆ ವಿಸರ್ಜನೆ ಕಾಗದದ ಮೇಲಿನದಾಗಬಾರದು. ಅದೇ ಮಿಲ್ಲಿನಿಂದ, ಅದೇ ಜಿಎಸ್‌ಟಿ ನಂಬರಿನಲ್ಲಿ ಮರುದಿನವೂ ಬಿಲ್ಲು ಹೊರಟರೆ ಪ್ರತಿವಾದಿ ಆ ಬಿಲ್ಲನ್ನೇ ತಂದು ಕೋರ್ಟಿನ ಮುಂದಿಡುತ್ತಾನೆ. ಮೂರು ವರ್ಷದ ಲೆಕ್ಕವೂ ವಿಸರ್ಜನೆಯ ದಿನದಿಂದ ಹೊಸದಾಗಿ ಶುರುವಾಗುವುದಿಲ್ಲ, ಮಾಲಿನ ವಾಯಿದೆ ಮುಗಿದ ದಿನದಿಂದಲೇ ಓಡುತ್ತಿರುತ್ತದೆ.