ಅಲ್ಲಮನ ದನಿ, ಹಲವರ ಕೈ

ಶೂನ್ಯಸಂಪಾದನೆಯನ್ನು ಒಬ್ಬರೇ ಕಟ್ಟಲಿಲ್ಲ. ಹದಿನೈದನೇ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ಆಸುಪಾಸಿನಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದರು. ಅವರ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ ಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದೇ ಕಥೆಯನ್ನು ಕೈಗೆತ್ತಿಕೊಂಡು ಹಿಗ್ಗಿಸಿದರು, ತಿದ್ದಿದರು, ಹೊಸ ಪ್ರಸಂಗಗಳನ್ನು ಸೇರಿಸಿದರು. ಮಹಾದೇವಯ್ಯನಲ್ಲಿ ಸಾವಿರಕ್ಕೆ ಸ್ವಲ್ಪ ಮೇಲಿದ್ದ ವಚನಗಳು ಗೂಳೂರರ ಹೊತ್ತಿಗೆ ಸಾವಿರದ ಐನೂರರ ಆಸುಪಾಸಿಗೆ ಬಂದವು. ಕಾಲ ಬದಲಾಯಿತು, ಊರು ಬದಲಾಯಿತು, ಕೈ ಬದಲಾಯಿತು. ಇಷ್ಟೆಲ್ಲ ಆದರೂ ಓದುತ್ತಾ ಹೋದರೆ ಅಲ್ಲಮಪ್ರಭು ಹೆಚ್ಚುಕಡಿಮೆ ಒಬ್ಬನೇ ಮನುಷ್ಯನಾಗಿ ಮಾತಾಡುತ್ತಾನೆ. ಇದು ಹೇಗಾಯಿತು, ಎಲ್ಲಿ ತಪ್ಪಿತು ಎಂಬುದನ್ನು ನೋಡಬೇಕು.

ಬೀದರ ಜಿಲ್ಲೆಯಲ್ಲಿ ಕೂತವರಿಗೆ ಈ ಪ್ರಶ್ನೆ ಹತ್ತಿರದ್ದು. ಕಥೆ ನಡೆಯುವುದು ನಮ್ಮ ಕಲ್ಯಾಣದಲ್ಲಿ. ಆದರೆ ಅದನ್ನು ಕಟ್ಟಿದವರು ಕಲ್ಯಾಣದ ಘಟನೆಗಳಾಗಿ ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬಂದ ತೆಂಕಣ ಸೀಮೆಯ ವಿರಕ್ತರು. ಮಹಾದೇವಯ್ಯ ಓಲೆಗರಿ ಜೋಡಿಸುತ್ತಿದ್ದ ಕಾಲಕ್ಕೆ ಇಲ್ಲಿ ಬಹಮನಿಗಳ ಆಳ್ವಿಕೆ ಇತ್ತು. ಅಂದರೆ ಸಂಪಾದನಕಾರರಿಗೆ ಕಲ್ಯಾಣ ಕಣ್ಣೆದುರಿನ ಊರಾಗಿರಲಿಲ್ಲ, ವಚನದ ಕಟ್ಟುಗಳಲ್ಲಿ ಉಳಿದ ಊರಾಗಿತ್ತು. ಅಲ್ಲಮನೂ ಅವರಿಗೆ ಸಿಕ್ಕಿದ್ದು ಹಾಗೆಯೇ, ಬರೀ ಮಾತಾಗಿ.

ಅವರ ಕೆಲಸದ ಸ್ವರೂಪ ಕಾದಂಬರಿಕಾರನ ಕೆಲಸದಂತಲ್ಲ. ಕಾದಂಬರಿಕಾರ ಪಾತ್ರದ ಬಾಯಿಗೆ ಹೊಸ ಮಾತು ಕೊಡುತ್ತಾನೆ. ಸಂಪಾದನಕಾರನ ಮುಂದೆ ಮಾತು ಮೊದಲೇ ಇದೆ: ಯಾವಾಗ, ಯಾರಿಗೆ, ಯಾಕೆ ಹೇಳಿದ್ದೆಂದು ಗೊತ್ತಿಲ್ಲದ ಬಿಡಿ ವಚನಗಳ ರಾಶಿ. ಅದರಿಂದ ಒಂದನ್ನು ಆರಿಸಿ, ಅಕ್ಕಮಹಾದೇವಿಯದೋ ಚೆನ್ನಬಸವಣ್ಣನದೋ ವಚನದ ಎದುರು ಇಟ್ಟು, ನಡುವೆ ಎರಡು ಮೂರು ಸಾಲಿನ ಗದ್ಯ ಬರೆದು ಅದನ್ನು ಉತ್ತರವಾಗಿಸಬೇಕು. ಅಲ್ಲಮನ ದನಿಯನ್ನು ಕಾಯುವುದೂ ಕೆಡಿಸುವುದೂ ಈ ಗದ್ಯದ ಕೊಂಡಿಯೇ. ಒಂದೇ ವಚನ ಅಹಂಕಾರಿಯೊಬ್ಬನ ಎದುರು ಬಂದರೆ ಏಟು, ದುಃಖದಲ್ಲಿರುವವಳ ಎದುರು ಬಂದರೆ ಕರುಣೆ. ಅಕ್ಷರ ಒಂದೂ ಬದಲಾಗದೆ ಮನುಷ್ಯ ಬದಲಾಗಿಬಿಡುತ್ತಾನೆ.

ದನಿ ಉಳಿದದ್ದಕ್ಕೆ ಅಂಕಿತವೇ ಕಾರಣ ಎಂದು ಹೇಳುವವರಿದ್ದಾರೆ. ಗುಹೇಶ್ವರ ಎಂದು ಕೊನೆಯಲ್ಲಿ ಬಂತೆಂದರೆ ಅದು ಅಲ್ಲಮನದು, ಕೂಡಲಸಂಗಮದೇವ ಎಂದರೆ ಬಸವಣ್ಣನದು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕನದು ಎಂಬ ಲೆಕ್ಕ. ನಾನು ಇದನ್ನು ಒಪ್ಪುವುದಿಲ್ಲ. ಅಂಕಿತ ಪಾತ್ರದ ಹೆಸರು ಹೇಳುತ್ತದೆಯೇ ಹೊರತು ಪಾತ್ರವನ್ನು ಕೊಡುವುದಿಲ್ಲ. ಯಾರು ಬೇಕಾದರೂ ನಾಲ್ಕು ಸಾಲು ಬರೆದು ಕೊನೆಗೆ ಗುಹೇಶ್ವರ ಸೇರಿಸಬಹುದು, ಸೇರಿಸಿದವರೂ ಇದ್ದಾರೆ. ಬೆಡಗಿನ ಒಗಟು ಮಾತಿನ ಕಥೆಯೂ ಅಷ್ಟೇ. ಅರ್ಥವಾಗದ ರೂಪಕಗಳನ್ನು ಒಂದರ ಮೇಲೊಂದು ಪೇರಿಸಿದ ಮಾತ್ರಕ್ಕೆ ಅಲ್ಲಮ ಹುಟ್ಟುವುದಿಲ್ಲ.

ಈ ಸಂಪಾದನಕಾರರು ನಿಜವಾಗಿ ಹಿಡಿದದ್ದು ಅಲ್ಲಮನ ನಡೆಯನ್ನು. ಎದುರಿನವರು ಯಾವ ನೆಲದ ಮೇಲೆ ನಿಂತು ಕೇಳುತ್ತಾರೋ ಆ ನೆಲವನ್ನು ಅವನು ಒಪ್ಪುವುದಿಲ್ಲ. ಪ್ರಶ್ನೆಗೆ ಉತ್ತರ ಕೊಡುವ ಮೊದಲು ಪ್ರಶ್ನೆ ಕೇಳುವವರು ಯಾರು ಎಂದು ಕೇಳುತ್ತಾನೆ. ಮುಕ್ತಾಯಕ್ಕ ಅಣ್ಣ ಅಜಗಣ್ಣನ ಸಾವಿಗೆ ಗೋಳಾಡುತ್ತಿರುವಾಗ ಅವನು ಸಮಾಧಾನ ಹೇಳುವುದಿಲ್ಲ. ಅವಳ ಅಳುವಿನ ಮೂಲವನ್ನೇ ಕೆದಕುತ್ತಾನೆ. ಅವಳೂ ಸುಮ್ಮನಿರುವವಳಲ್ಲ. ಅರಿತವನ ಮಾತು ನಿಲ್ಲಬೇಕಲ್ಲವೇ, ನೀನಿನ್ನೂ ಮಾತಾಡುತ್ತಿದ್ದೀಯಲ್ಲ ಎಂದು ತಿರುಗಿ ಕೇಳುತ್ತಾಳೆ. ಈ ಭಾಗದಲ್ಲಿ ಅಲ್ಲಮನಿಗೆ ಪೆಟ್ಟು ಬೀಳುತ್ತದೆ. ಆದರೂ ದನಿ ಕೆಡುವುದಿಲ್ಲ, ಯಾಕೆಂದರೆ ಪೆಟ್ಟು ಬಿದ್ದಾಗ ಅವನು ಗುರುವಿನ ಪೀಠಕ್ಕೆ ಹತ್ತಿ ಕೂರುವುದಿಲ್ಲ. ಅಕ್ಕನ ಪ್ರಸಂಗದಲ್ಲೂ ಇದೇ ನಡೆ. ಎಲ್ಲ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದು ಯಾಕೆ ಎಂದು ಸಭೆಯ ನಡುವೆ ಕೇಳುವಷ್ಟು ಕಠೋರವಾಗಿ ಶುರುಮಾಡಿ, ಅವಳ ಉತ್ತರದ ಮುಂದೆ ತಲೆಬಾಗುವವರೆಗೆ ಹೋಗುತ್ತಾನೆ. ಕಠೋರತೆಯೂ ತಲೆಬಾಗುವಿಕೆಯೂ ಒಬ್ಬನದೇ ಎಂದು ಓದುಗನಿಗೆ ಅನ್ನಿಸುತ್ತದೆ.

ಸಿದ್ಧರಾಮನ ಪ್ರಸಂಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮ ಕೆರೆ ಕಟ್ಟಿಸುತ್ತಾ, ಗುಡಿ ಕಟ್ಟಿಸುತ್ತಾ ದೊಡ್ಡ ಹೆಸರು ಮಾಡಿದ್ದಾನೆ. ಅಲ್ಲಮ ಬಂದು ಆ ಕೆರೆ ತೋಡುವ ಕೆಲಸವನ್ನೇ ಹಿಡಿದು ಕೆಣಕುತ್ತಾನೆ. ಕೆಲಸದವರು ಕಲ್ಲು ಬೀರುತ್ತಾರೆ, ಸಿದ್ಧರಾಮ ಸಿಟ್ಟಿನಿಂದ ಉರಿಗಣ್ಣು ತೆರೆಯುತ್ತಾನೆ, ಕೊನೆಗೆ ಎದುರಿಗಿರುವವನು ಯಾರೆಂದು ತಿಳಿದು ತಣ್ಣಗಾಗುತ್ತಾನೆ. ಅವನನ್ನು ಕರೆದುಕೊಂಡು ಅಲ್ಲಮ ಕಲ್ಯಾಣಕ್ಕೆ ಬರುತ್ತಾನೆ. ಬಾಗಿಲಲ್ಲಿ ನಿಂತರೆ ಬಸವಣ್ಣ ಲಿಂಗಪೂಜೆಯಲ್ಲಿ ಮುಳುಗಿದ್ದಾನೆ, ತಾನೇ ಎದ್ದು ಬರುವುದಿಲ್ಲ, ಒಳಗೆ ಕರೆತರಲು ಹೇಳಿ ಕಳಿಸುತ್ತಾನೆ. ಅಲ್ಲಮ ಹೊಸ್ತಿಲು ದಾಟುವುದಿಲ್ಲ. ಕೈಯ ಲಿಂಗದ ಪೂಜೆ ನಡೆಯುತ್ತಿರುವಾಗ ಬಾಗಿಲಿಗೆ ಬಂದ ಜಂಗಮನನ್ನು ಕಾಯಿಸುವುದು ಎಂಥ ಭಕ್ತಿ ಎಂಬ ವಾದ ಅಲ್ಲೇ ಬೆಳೆಯುತ್ತದೆ. ಕನ್ನಡದ ಕಥನಗಳಲ್ಲಿ ಇಷ್ಟು ಬಿಗಿಯಾದ ಬಾಗಿಲ ದೃಶ್ಯ ಅಪರೂಪ. ಹೊರಗಿನ ಪೂಜೆಯಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವ ಅಲ್ಲಮ ಇಲ್ಲಿ ಬಸವಣ್ಣನಿಗೂ ರಿಯಾಯಿತಿ ಕೊಡುವುದಿಲ್ಲ.

ಈ ದೃಶ್ಯದ ಬೆನ್ನಿಗೇ ದನಿ ಕೆಡುತ್ತದೆ. ಸಿದ್ಧರಾಮನ ಕೈಯಲ್ಲಿ ಇಷ್ಟಲಿಂಗವಿಲ್ಲ. ಮಹಾದೇವಯ್ಯನ ಸಂಪಾದನೆಯಲ್ಲಿ ಅವನಿಗೆ ದೀಕ್ಷೆಯಾಗುವುದಿಲ್ಲ. ಒಳಗೆ ಅರಿವು ಮೂಡಿದವನಾಗಿ ಅವನು ಶರಣರ ನಡುವೆ ನಿಲ್ಲುತ್ತಾನೆ. ಹಲಗೆಯಾರ್ಯನಿಗೆ ಇದು ಸರಿಬರಲಿಲ್ಲ. ಅವನ ಕಾಲದ ವಿರಕ್ತ ಸಮುದಾಯಕ್ಕೆ ಇಷ್ಟಲಿಂಗವಿಲ್ಲದ ಶರಣನೊಬ್ಬ ಮೊದಲ ಸಾಲಿನಲ್ಲಿರುವುದು ಕಷ್ಟದ ಸಂಗತಿಯಾಗಿತ್ತು. ಹಾಗಾಗಿ ದೀಕ್ಷೆಯ ಪ್ರಸಂಗ ಸೇರಿತು, ಗೂಳೂರರಲ್ಲೂ ಉಳಿಯಿತು. ಚೆನ್ನಬಸವಣ್ಣನ ಕೈಯಿಂದ, ಅಲ್ಲಮನ ಸಮ್ಮತಿಯಿಂದ, ಸಿದ್ಧರಾಮ ಲಿಂಗ ಪಡೆಯುತ್ತಾನೆ. ಇಲ್ಲಿ ಸಿದ್ಧರಾಮ ವಾದಿಸುವ ಮಾತುಗಳನ್ನು ಓದಿ ನೋಡಿ. ಒಳಗೆ ಇರುವುದಕ್ಕೆ ಹೊರಗಿನ ಗುರುತು ಯಾಕೆ ಎಂದು ಅವನು ಕೇಳುವಾಗ ಅಲ್ಲಮನ ದನಿ ಕೇಳಿಸುತ್ತಿರುವುದು ಸಿದ್ಧರಾಮನ ಬಾಯಲ್ಲಿ. ಹೊರಗಿನ ಆಸರೆಯನ್ನೆಲ್ಲ ಕಿತ್ತುಹಾಕುತ್ತಾ ಬಂದ ಅಲ್ಲಮ ಈಗ ಆಸರೆಯ ಪಕ್ಷಕ್ಕೆ ನಿಂತಿದ್ದಾನೆ. ಬಾಗಿಲಲ್ಲಿ ಬಸವಣ್ಣನನ್ನು ಅಲುಗಾಡಿಸಿದವನು ಒಳಗೆ ಬಂದ ಮೇಲೆ ಮತದ ನಿಯಮ ಕಾಯುತ್ತಾನೆ. ಅಂಕಿತ ಸರಿಯಿದೆ, ಪದಗಳೂ ಅವನವೇ. ಆದರೂ ಮಾತಾಡುತ್ತಿರುವವನು ಬೇರೆ.

ದನಿ ಜಾರಿದ್ದನ್ನು ಗುರುತಿಸಲು ನಾನು ನೋಡುವುದು ಒಂದೇ: ಅಲ್ಲಮ ವಿವರಿಸತೊಡಗಿದನೇ? ಅಂಗಸ್ಥಲ, ಲಿಂಗಸ್ಥಲ ಎಂದು ಎಣಿಸುತ್ತಾ, ಒಂದೊಂದಕ್ಕೂ ಲಕ್ಷಣ ಹೇಳುತ್ತಾ, ನಡುವೆ ಸಂಸ್ಕೃತ ಶ್ಲೋಕದ ಸಾಕ್ಷಿ ಕೊಡುತ್ತಾ ಹೋದರೆ ಆ ಕೆಲಸ ಚೆನ್ನಬಸವಣ್ಣನದು. ಷಟ್‌ಸ್ಥಲವನ್ನು ಶಾಸ್ತ್ರವಾಗಿ ಕಟ್ಟಿದವನು ಅವನು, ಅವನ ಬಾಯಲ್ಲಿ ಅದು ಸಹಜ. ವೇದ ಶಾಸ್ತ್ರಗಳನ್ನು ಹಗುರ ಮಾಡಿ ಆಡುವ ಅಲ್ಲಮನ ಬಾಯಲ್ಲಿ ಅದೇ ಬಂದರೆ ಸಂಪಾದನಕಾರ ತನ್ನ ಪಾಠವನ್ನು ಪಾತ್ರದ ಕೈಗೆ ಕೊಟ್ಟಿದ್ದಾನೆ ಎಂದು ತಿಳಿಯಬೇಕು.

ದನಿ ಉಳಿಸಿದ್ದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು, ಇದು ನಮ್ಮ ಭಾಗದವರಿಗೆ ನೋವಿನದು. ಅಲ್ಲಮನ ದನಿ ನೆಟ್ಟಗೆ ಉಳಿಯಲು ಬಸವಣ್ಣನ ದನಿ ಕಿರಿದಾಯಿತು. ಬಿಡಿ ವಚನಗಳ ಬಸವಣ್ಣ ಸಿಟ್ಟಾಗುತ್ತಾನೆ, ಗೇಲಿ ಮಾಡುತ್ತಾನೆ, ತನ್ನನ್ನೇ ಜರೆದುಕೊಳ್ಳುತ್ತಾನೆ, ಜಾತಿಯ ಸೊಕ್ಕಿಗೆ ನೇರ ಕೈ ಹಾಕುತ್ತಾನೆ. ಸಂಪಾದನೆಯ ಬಸವಣ್ಣ ಹೆಚ್ಚಾಗಿ ಕೈಮುಗಿದ ಬಸವಣ್ಣ. ಅಲ್ಲಮನ ಎತ್ತರಕ್ಕೆ ತಗ್ಗು ಬೇಕಿತ್ತು, ತಗ್ಗಾಗಿ ಬಂದದ್ದು ಕಲ್ಯಾಣದ ಮಂತ್ರಿ. ಒಂದರ ಮೇಲೊಂದರಂತೆ ಬಂದ ಸಂಪಾದನೆಗಳಲ್ಲಿ ಈ ಅಳತೆ ಬದಲಾಗಲಿಲ್ಲ. ಒಂದು ಪಾತ್ರದ ಸ್ಥಿರತೆಗೆ ಇನ್ನೊಂದು ಪಾತ್ರದ ಬಹುರೂಪ ಬಲಿಯಾಯಿತು ಎಂಬುದು ಈ ಕೃತಿಯ ನಿಜವಾದ ಕೊರತೆ.

ಅಲ್ಲಮನಿಗೆ ದನಿ ಕೊಡುವ ಈ ಕೆಲಸ ಓಲೆಗರಿಗೆ ಮುಗಿದಿಲ್ಲ. ಶ್ರಾವಣ ಬಂತೆಂದರೆ ನಮ್ಮ ಕಡೆ ಮಠಗಳಲ್ಲಿ, ಗುಡಿಗಳಲ್ಲಿ ತಿಂಗಳುಗಟ್ಟಲೆ ಪುರಾಣ ಪ್ರವಚನ ನಡೆಯುತ್ತದೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ, ನಡುವೆ ಬೇರೆ ಶರಣರೋ ಸ್ವಾಮಿಗಳೋ ಬಂದು ಮುಂದುವರಿಸುತ್ತಾರೆ. ನಿನ್ನೆಯ ಅಲ್ಲಮ ಇಂದು ಬೇರೆಯವರ ಬಾಯಲ್ಲಿ. ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಈ ನೆಲದಲ್ಲಿ, ಅವರ ಮುಂದಾಳತ್ವದಲ್ಲೇ ಬಸವಕಲ್ಯಾಣದಲ್ಲಿ ಅನುಭವ ಮಂಟಪ ಎದ್ದ ಮೇಲೆ, ವಚನ ಹೇಳುವ ಬಾಯಿಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಅಲ್ಲಮನನ್ನು ಉಪದೇಶಕನಾಗಿಸದೆ ಬಿಡುವ ಸಂಯಮಕ್ಕೆ. ಮೊದಲ ರಾತ್ರಿ ಪ್ರಶ್ನೆ ಕೇಳಿದವನು ಹತ್ತನೆಯ ರಾತ್ರಿಯ ಹೊತ್ತಿಗೆ ಸಂಸಾರದಲ್ಲಿ ಹೇಗಿರಬೇಕೆಂದು ಬುದ್ಧಿ ಹೇಳುವ ಹಿರಿಯನಾಗಿಬಿಡುತ್ತಾನೆ. ಕೇಳುವವರಿಗೆ ಅದು ಹಿತ, ಹೇಳುವವರಿಗೆ ಸುಲಭ. ಹಲಗೆಯಾರ್ಯ ಜಾರಿದ ಜಾಗವೂ ಇದೇ: ಕೇಳುವ ಸಮುದಾಯಕ್ಕೆ ಬೇಕಾದದ್ದನ್ನು ಪಾತ್ರದಿಂದ ಹೇಳಿಸಿದ್ದು.

ಈ ಸಂಪಾದನೆಗಳಲ್ಲಿ ಕಥೆಯ ಸಮೃದ್ಧಿಗೆ ಗೂಳೂರರದು ಮೇಲು. ಕಲ್ಯಾಣಕ್ಕೆ ಯಾರು ಯಾರು ಬಂದರು, ಸಭೆ ಹೇಗೆ ತುಂಬಿತು ಎಂದು ತಿಳಿಯಲು ಅದೇ ಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದೂ ಅದನ್ನೇ. ಆದರೆ ಅಲ್ಲಮನ ದನಿಗೆ ಮಹಾದೇವಯ್ಯನ ಸಂಪಾದನೆಯೇ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಆತ ಕಡಿಮೆ ಸೇರಿಸಿದ್ದರಿಂದ ಮಾತ್ರವಲ್ಲ, ಸಿದ್ಧರಾಮನ ಪ್ರಶ್ನೆಯನ್ನು ಮುಗಿಸದೆ ಬಿಡುವ ಧೈರ್ಯ ತೋರಿದ್ದರಿಂದ. ಈ ಶ್ರಾವಣದಲ್ಲಿ ಪ್ರವಚನ ಮುಂದುವರಿಸಲು ಕೂರುವವರು ಸಿದ್ಧರಾಮನ ಭಾಗವನ್ನು ಎರಡೂ ಸಂಪಾದನೆಗಳಲ್ಲಿ ಅಕ್ಕಪಕ್ಕ ಇಟ್ಟು ಓದಿಕೊಂಡು ಬರಲಿ, ಆಮೇಲೆ ಪೀಠ ಹತ್ತಲಿ.