ಹನ್ನೊಂದೂವರೆ ಹೋಗಿ ಮೇ ಹನ್ನೊಂದಾದಾಗ

ಎಕ್ಸೆಲ್ ಫೈಲು ದೇಶ ದಾಟಿದರೆ ಅಂಕಿಗಳು ಕೆಡುತ್ತವೆ ಎಂದು ದೂರುವವರು ಬಹಳ. ಆದರೆ .xlsx ಫೈಲು ಈ ವಿಷಯದಲ್ಲಿ ಬಹುಮಟ್ಟಿಗೆ ನಿರಪರಾಧಿ. ಅದರೊಳಗೆ ಹನ್ನೊಂದೂವರೆ ಎಂಬ ಸಂಖ್ಯೆ ಯಾವ ದೇಶದಲ್ಲಿ ಕೂತು ಬರೆದರೂ 11.5 ಎಂದು ಚುಕ್ಕೆ ಇಟ್ಟೇ ದಾಖಲಾಗುತ್ತದೆ. ದಿನಾಂಕವೂ ಅಲ್ಲಿ ಬರೀ ಒಂದು ಸಂಖ್ಯೆ: 2024ರ ಏಪ್ರಿಲ್ 3 ಎಂದರೆ 45385. ಅದನ್ನು ತೆರೆ ಮೇಲೆ ಹೇಗೆ ತೋರಿಸಬೇಕು ಎಂಬುದನ್ನು ಮಾತ್ರ ತೆರೆಯುವವರ ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ತೀರ್ಮಾನಿಸುತ್ತದೆ. ಬೆಂಗಳೂರಿನಲ್ಲಿ 11.5 ಆಗಿ ಕಂಡದ್ದು ಹ್ಯಾಂಬರ್ಗಿನಲ್ಲಿ 11,5 ಆಗಿ ಕಾಣುತ್ತದೆ, ಲೆಕ್ಕ ಒಂದೇ.

ಕೆಡುವುದು ಅಂಕಿ ಅಕ್ಷರದ ರೂಪದಲ್ಲಿ ಪ್ರಯಾಣ ಮಾಡಿದಾಗ. ಸಿಎಸ್‌ವಿ ಫೈಲು, ಇಮೇಲಿನಿಂದ ಕಾಪಿ ಮಾಡಿ ಅಂಟಿಸಿದ ಕೋಷ್ಟಕ, ಬ್ಯಾಂಕಿನಿಂದ ಇಳಿಸಿಕೊಂಡ ಸ್ಟೇಟ್‌ಮೆಂಟು, ಇವುಗಳಲ್ಲಿ ಇರುವುದು ಸಂಖ್ಯೆಯಲ್ಲ, ಸಂಖ್ಯೆಯ ಬರವಣಿಗೆ. ಅದನ್ನು ಓದುವ ಕೆಲಸ ತೆರೆಯುವ ಕಂಪ್ಯೂಟರಿನದು, ಅದು ತನ್ನ ಊರಿನ ರೂಢಿಯಂತೆಯೇ ಓದುತ್ತದೆ.

ಕಾಫಿ ವ್ಯಾಪಾರದ ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಕಾಫಿಗೆ ಜರ್ಮನಿ ದೊಡ್ಡ ಗಿರಾಕಿ. ಅಲ್ಲಿ ದಶಮಾಂಶಕ್ಕೆ ಕಾಮಾ, ಸಾವಿರಕ್ಕೆ ಚುಕ್ಕೆ. ಕಾಮಾ ಆ ಕೆಲಸಕ್ಕೆ ಹೋದದ್ದರಿಂದ ಕಾಲಂಗಳನ್ನು ಬೇರ್ಪಡಿಸಲು ಸೆಮಿಕೋಲನ್. ಹ್ಯಾಂಬರ್ಗಿನ ಖರೀದಿದಾರರಿಂದ ಚಿಕ್ಕಮಗಳೂರಿನ ರಫ್ತು ಕಚೇರಿಗೆ ಇಂಥದೊಂದು ಫೈಲು ಬಂತು ಎನ್ನಿ:

```
Datum;Sack;Menge_t;Preis
03.04.2024;320;19,200;3.845,50
04.04.2024;1.280;76,800;3.790,00
```

ಮೊದಲ ಸಾಲು ಒಂದು ಇಪ್ಪತ್ತು ಅಡಿ ಕಂಟೇನರಿನ ಲೆಕ್ಕ: 60 ಕೆ.ಜಿ.ಯ 320 ಮೂಟೆ, ಅಂದರೆ 19.2 ಟನ್, ಟನ್ನಿಗೆ 3,845.50 ಯೂರೊ. ಎರಡನೆಯದು ಅಂಥ ನಾಲ್ಕು ಕಂಟೇನರು: 1,280 ಮೂಟೆ, 76.8 ಟನ್.

ನಮ್ಮ ಸೆಟ್ಟಿಂಗಿನ ಕಂಪ್ಯೂಟರಿನಲ್ಲಿ ಇದನ್ನು ಡಬಲ್ ಕ್ಲಿಕ್ ಮಾಡಿದರೆ ಕಾಮಾ ಕಂಡಲ್ಲೆಲ್ಲ ಸಾಲು ತುಂಡಾಗಿ ಕಲಸುಮೇಲೋಗರವಾಗುತ್ತದೆ. ಅದು ಒಳ್ಳೆಯದೇ, ಏನೋ ತಪ್ಪಾಗಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಅಪಾಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಬೇರ್ಪಡಿಸುವ ಗುರುತು ಸೆಮಿಕೋಲನ್ ಎಂದು ಹೇಳಿ ಮತ್ತೆ ತೆರೆದಾಗ ಕಾಲಂಗಳು ಅಚ್ಚುಕಟ್ಟಾಗಿ ಕೂರುತ್ತವೆ, ಕೆಲಸ ಮುಗಿಯಿತು ಎಂದು ಗುಮಾಸ್ತರು ನಿಟ್ಟುಸಿರು ಬಿಡುತ್ತಾರೆ. ಅಷ್ಟರಲ್ಲಿ ಮೂರು ಕಾಲಂಗಳಿಗೆ ಮೂರು ಗತಿ ಆಗಿರುತ್ತದೆ. ತೂಕದ 19,200 ಹತ್ತೊಂಬತ್ತು ಸಾವಿರದ ಇನ್ನೂರು ಟನ್ ಆಯಿತು. ಮೂಟೆಯ 1.280 ಒಂದೂಕಾಲು ಮೂಟೆಗೆ ಇಳಿಯಿತು. ಬೆಲೆಯ 3.845,50 ಮಾತ್ರ ನಮ್ಮ ರೂಢಿಯಲ್ಲಿ ಸಂಖ್ಯೆಯೇ ಅಲ್ಲದ್ದರಿಂದ ಅಕ್ಷರವಾಗಿ ಉಳಿದು ಸೆಲ್ಲಿನ ಎಡಕ್ಕೆ ಅಂಟಿಕೊಂಡಿತು.

ಮೂರರಲ್ಲಿ ಕಡಿಮೆ ಕೆಟ್ಟದ್ದು ಆ ಬೆಲೆಯೇ. ಮೊತ್ತ ಹಾಕಿದರೆ ಸೊನ್ನೆ ಬರುತ್ತದೆ, ಕಣ್ಣಿಗೆ ಬೀಳುತ್ತದೆ. ಅಕ್ಷರವೆಲ್ಲ ಹಾಗೇ ಉಳಿದಿರುವುದರಿಂದ ರಿಪೇರಿಯೂ ಸುಲಭ. ಎಕ್ಸೆಲ್ 2013ರಲ್ಲಿ ಬಂದ ಒಂದು ಫಂಕ್ಷನ್ನಿಗೆ ದಶಮಾಂಶದ ಗುರುತು ಯಾವುದು, ಸಾವಿರದ ಗುರುತು ಯಾವುದು ಎಂದು ಹೇಳಿಬಿಟ್ಟರೆ ಸಾಕು:

```
=NUMBERVALUE(D2,",",".")
```

3845.5 ಎಂಬ ನಿಜವಾದ ಸಂಖ್ಯೆ ಸಿಗುತ್ತದೆ. ತೂಕದ ಕಾಲಮ್ಮಿನಲ್ಲಿ ಎಲ್ಲ ಅಂಕಿಗೂ ಮೂರು ದಶಮಾಂಶ ಸ್ಥಾನ ಇದ್ದದ್ದರಿಂದ ಸಾವಿರದಿಂದ ಭಾಗಿಸಿದರೆ ಸರಿಹೋಗುತ್ತದೆ. ಮೂಟೆಯ ಕಾಲಂ ಹಾಗಲ್ಲ. ಅಲ್ಲಿ 320ಕ್ಕೆ ಏನೂ ಆಗಿಲ್ಲ, 1.280 ಮಾತ್ರ ಕೆಟ್ಟಿದೆ. ಇಡೀ ಕಾಲಮ್ಮನ್ನು ಸಾವಿರದಿಂದ ಗುಣಿಸುವಂತಿಲ್ಲ. ಪೂರ್ಣಾಂಕವಲ್ಲದ್ದನ್ನು ಮಾತ್ರ ಗುಣಿಸೋಣ ಎಂದರೆ ಇನ್ನೊಂದು ತೊಡಕು: ಜರ್ಮನ್ ಫೈಲಿನಲ್ಲಿ 2.000 ಎಂದಿದ್ದ ಎರಡು ಸಾವಿರ ಮೂಟೆ ಇಲ್ಲಿ ಶುದ್ಧ ಪೂರ್ಣಾಂಕ 2 ಆಗಿ ಕೂತಿರುತ್ತದೆ. ಅದು ಕೆಟ್ಟದ್ದೋ ನಿಜವಾಗಿಯೇ ಎರಡು ಮೂಟೆಯೋ ಎಂದು ಆ ಸೆಲ್ಲನ್ನು ಎಷ್ಟು ಹೊತ್ತು ನೋಡಿದರೂ ತಿಳಿಯದು. ಪಕ್ಕದ ತೂಕದ ಕಾಲಂ ಸಾಕ್ಷಿ ಹೇಳಬೇಕು: 120 ಟನ್ ತೂಗುವ ಎರಡು ಮೂಟೆ ಎಲ್ಲೂ ಇರಲಾರದು.

ಆದ್ದರಿಂದ ಇಂಥ ಫೈಲನ್ನು ಒಳಗೆ ಬಿಟ್ಟುಕೊಳ್ಳುವಾಗಲೇ ಅದರ ಊರು ಯಾವುದೆಂದು ಹೇಳಿಬಿಡಬೇಕು. ಡಬಲ್ ಕ್ಲಿಕ್ ಬೇಡ. ಖಾಲಿ ಶೀಟಿನಲ್ಲಿ Data ಟ್ಯಾಬಿನ From Text/CSV ಒತ್ತಿ, ಫೈಲು ಆರಿಸಿ, Load ಬದಲು Transform Data ಒತ್ತಿ. ತೆರೆದುಕೊಳ್ಳುವ ಪವರ್ ಕ್ವೆರಿಯ ಬಲಬದಿಯಲ್ಲಿ Changed Type ಎಂಬ ಹೆಜ್ಜೆ ತಾನಾಗಿಯೇ ಸೇರಿಕೊಂಡಿರುತ್ತದೆ. ಕಿತಾಪತಿ ಮಾಡುವುದು ಅದೇ, ಅಳಿಸಿಬಿಡಿ. ಎಲ್ಲವೂ ಮತ್ತೆ ಅಕ್ಷರವಾಗುತ್ತದೆ. ಈಗ ಕಾಲಮ್ಮಿನ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ Change Type, ಅದರಲ್ಲಿ Using Locale, ಆಮೇಲೆ Decimal Number ಮತ್ತು German (Germany). ದಿನಾಂಕದ ಕಾಲಮ್ಮಿಗೂ ಇದೇ ಕ್ರಮ, Date ಎಂದು ಆರಿಸಿದರಾಯಿತು. ಮುಂದಿನ ತಿಂಗಳು ಅದೇ ಹೆಸರಿನ ಹೊಸ ಫೈಲು ಅದೇ ಫೋಲ್ಡರಿಗೆ ಬಂದರೆ Refresh ಒತ್ತಿದರೆ ಸಾಕು, ಹೆಜ್ಜೆಗಳೆಲ್ಲ ನೆನಪಿನಲ್ಲಿರುತ್ತವೆ. ಲಿಬ್ರೆ ಆಫೀಸಿನಲ್ಲಿ ಸಿಎಸ್‌ವಿ ತೆರೆಯುವಾಗ ಬರುವ ಕಿಟಕಿಯಲ್ಲೇ Language ಎಂಬ ಆಯ್ಕೆ ಇದೆ, ಕೆಲಸ ಇನ್ನೂ ಚುಟುಕು.

ಇನ್ನು ವಾಪಸು ಪ್ರಯಾಣ. ಚಿಕ್ಕಮಗಳೂರಿನಿಂದ ಹ್ಯಾಂಬರ್ಗಿಗೆ ಕಾಫಿ ಬೀಜದ ತೇವಾಂಶದ ವರದಿ ಸಿಎಸ್‌ವಿಯಾಗಿ ಹೋಯಿತು: 11.5, 10.8, 11.2, ಹೀಗೆ. ಜರ್ಮನ್ ದಿನಾಂಕದಲ್ಲಿ ದಿನದ ಮುಂದೆ ಚುಕ್ಕೆ, ಆಮೇಲೆ ತಿಂಗಳು. ಅಲ್ಲಿನ ಎಕ್ಸೆಲ್ 11.5 ನೋಡಿ ಇದು ಮೇ ತಿಂಗಳ ಹನ್ನೊಂದು ಎಂದುಕೊಂಡು 11. Mai ಎಂದು ತೋರಿಸುತ್ತದೆ. 10.8 ಆಗಸ್ಟ್ ಹತ್ತಾಗುತ್ತದೆ. ಫಾರ್ಮ್ಯಾಟನ್ನು ಸಂಖ್ಯೆಗೆ ಬದಲಾಯಿಸಿದರೆ ಹನ್ನೊಂದೂವರೆ ಹಿಂತಿರುಗುವುದಿಲ್ಲ. 2024ರಲ್ಲಿ ತೆರೆದಿದ್ದರೆ 45423 ಎಂದು ಬರುತ್ತದೆ. ಸರಾಸರಿ ತೇವಾಂಶ ನಲವತ್ತೈದು ಸಾವಿರ ಚಿಲ್ಲರೆ ಎಂದು ಬಂದ ಮೇಲೆಯೇ ಕೆಲವರಿಗೆ ಎಚ್ಚರವಾಗುವುದು.

ಎಲ್ಲ ಅಂಕಿಗೂ ಒಂದೇ ದಶಮಾಂಶ ಸ್ಥಾನ ಇತ್ತು ಎಂಬುದು ಖಚಿತವಿದ್ದರೆ, ದಿನಾಂಕವಾಗಿ ಹೋದ ಸೆಲ್ಲುಗಳನ್ನು ಹೀಗೆ ಮರಳಿ ಪಡೆಯಬಹುದು:

```
=DAY(B2)+MONTH(B2)/10
```

ಎರಡು ಸ್ಥಾನ ಇದ್ದರೆ ಈ ಆಟ ನಡೆಯದು. 11.5 ಮತ್ತು 11.05 ಎರಡೂ ಮೇ ಹನ್ನೊಂದೇ ಆಗಿಬಿಟ್ಟಿರುತ್ತವೆ, ಯಾವುದು ಯಾವುದೆಂದು ಆ ಶೀಟಿನಲ್ಲಿ ಎಲ್ಲೂ ಉಳಿದಿರುವುದಿಲ್ಲ. ಇಲ್ಲಿ ಸೂತ್ರ ಹೊಸೆಯುತ್ತ ಕೂರಬಾರದು, ಮೂಲ ಫೈಲನ್ನು ಕೇಳಿ ತರಿಸಿಕೊಳ್ಳಬೇಕು. ಗುರುತು ಮಾತ್ರ ಅದಲುಬದಲಾಗಿದೆಯೋ, ಮಾಹಿತಿಯೇ ಅಳಿದಿದೆಯೋ ಎಂದು ರಿಪೇರಿಗೆ ಕೈಹಾಕುವ ಮೊದಲೇ ನೋಡಿಕೊಳ್ಳಬೇಕು ಎನ್ನುವುದು ಇದಕ್ಕೇ.

ಮಾಹಿತಿ ಅಳಿಯದ ತಂಟೆಗೆ ಒಳ್ಳೆಯ ಉದಾಹರಣೆ ದಿನಾಂಕದ ಅದಲುಬದಲು. ಇದಕ್ಕೆ ವಿದೇಶಕ್ಕೆ ಹೋಗಬೇಕಿಲ್ಲ. ನಮ್ಮಲ್ಲೂ ಎಷ್ಟೋ ಲ್ಯಾಪ್‌ಟಾಪುಗಳು English (United States) ಸೆಟ್ಟಿಂಗಿನಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತವೆ. ಅಂಥದರಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟು ತೆರೆದರೆ 03/04/2024, ಅಂದರೆ ಏಪ್ರಿಲ್ 3, ಮಾರ್ಚ್ 4 ಆಗುತ್ತದೆ. ಆ ಒಂದು ನಮೂದು ಸದ್ದಿಲ್ಲದೆ ಹಿಂದಿನ ಹಣಕಾಸು ವರ್ಷಕ್ಕೆ ಜಾರಿತು. 15/04/2024 ಮಾತ್ರ ಅಕ್ಷರವಾಗಿ ಉಳಿಯುತ್ತದೆ, ಏಕೆಂದರೆ ಹದಿನೈದನೆಯ ತಿಂಗಳು ಎಂಬುದಿಲ್ಲ. ಹೀಗಾಗಿ ಒಂದೇ ಕಾಲಂ ಎರಡು ಪಾಲಾಗುತ್ತದೆ: ತಿಂಗಳ 1ರಿಂದ 12ರವರೆಗಿನ ದಿನಗಳು ಬಲಕ್ಕೆ, 13ರಿಂದಾಚೆಯವು ಎಡಕ್ಕೆ. ಕಾಲಂ ಅಗಲ ಮಾಡಿ ನೋಡಿದರೆ ಈ ಎಡಬಲದ ಜಗಳ ಒಂದೇ ನೋಟಕ್ಕೆ ಕಾಣುತ್ತದೆ. ಎಲ್ಲವನ್ನೂ ಸೆಂಟರ್ ಮಾಡಿಟ್ಟ ಶೀಟಿನಲ್ಲಿ ಈ ಸುಳಿವು ಸಿಗುವುದಿಲ್ಲ. ವರ್ಷದ 144 ದಿನಗಳು ಹೀಗೆ ಎರಡೂ ರೀತಿ ಓದಿಸಿಕೊಳ್ಳುವಂಥವು. 4/4, 5/5 ಎಂಬಂಥ ಹನ್ನೆರಡನ್ನು ಬಿಟ್ಟರೆ 132 ದಿನಗಳು ತಪ್ಪಿದ್ದೂ ಸರಿಯಾದಂತೆ ಕಾಣುತ್ತವೆ.

ಅನೇಕರು ಎಡಕ್ಕಿರುವ ಅಕ್ಷರಗಳನ್ನು ಮಾತ್ರ ಸರಿಮಾಡಿ ಬಲಕ್ಕಿರುವುದು ಸರಿಯಿದೆ ಎಂದು ಬಿಡುತ್ತಾರೆ. ನಿಜವಾಗಿ ತಪ್ಪಾಗಿರುವುದು ಬಲಕ್ಕಿರುವುದೇ. ಎರಡನ್ನೂ ಸೇರಿಸಿ ಸರಿಪಡಿಸುವ ಸೂತ್ರ ಇದು:

```
=IF(ISNUMBER(A2),
 DATE(YEAR(A2),DAY(A2),MONTH(A2)),
 DATE(RIGHT(A2,4),MID(A2,4,2),LEFT(A2,2)))
```

ಎಕ್ಸೆಲ್ ದಿನಾಂಕ ಎಂದು ನುಂಗಿದ್ದಕ್ಕೆ ದಿನ-ತಿಂಗಳು ಅದಲುಬದಲು, ಅಕ್ಷರವಾಗಿ ಉಳಿದದ್ದಕ್ಕೆ ತುಂಡು ತುಂಡಾಗಿ ತೆಗೆದು ಜೋಡಣೆ. ದಿನ, ತಿಂಗಳಿಗೆ ಎರಡೆರಡು ಅಂಕಿ ಇದ್ದರೆ ಮಾತ್ರ ಇದು ನಡೆಯುತ್ತದೆ, ಹಿಂದೆ ಮುಂದೆ ಖಾಲಿ ಜಾಗವೂ ಇರಬಾರದು. ನಡುವೆ ಯಾರಾದರೂ ಕೈಯಾರೆ ತಿದ್ದಿದ ಸಾಲು ಇದ್ದರೆ ಅದು ಮತ್ತೆ ಕೆಡುತ್ತದೆ. ಆದ್ದರಿಂದ ಪಕ್ಕದ ಹೊಸ ಕಾಲಮ್ಮಿನಲ್ಲಿ ಸೂತ್ರ ಹಾಕಿ, ಹಳೆಯದನ್ನು ಹಾಗೇ ಇಡಿ. ಸ್ಟೇಟ್‌ಮೆಂಟು ದಿನಾಂಕದ ಕ್ರಮದಲ್ಲೇ ಇರುತ್ತದಲ್ಲ, ಸರಿಮಾಡಿದ ಮೇಲೆ ಪ್ರತಿ ಸಾಲಿನ ದಿನಾಂಕ ಮೇಲಿನದಕ್ಕಿಂತ ಹಿಂದಿನದಾಗಿರಬಾರದು. ಹೊಸ ದಿನಾಂಕ ಮೇಲಿರುವ ಸ್ಟೇಟ್‌ಮೆಂಟಾದರೆ ಇದೇ ಪರೀಕ್ಷೆ ತಿರುವುಮುರುವು. ಎಲ್ಲಿ ಕ್ರಮ ತಪ್ಪುತ್ತದೋ ಅಲ್ಲಿ ಕೈಯಾಡಿಸಿದ ಸಾಲು ಸಿಗುತ್ತದೆ.

ಕಳಿಸುವವರ ಕಡೆಯಿಂದ ಆಗಬೇಕಾದ್ದು ಇಷ್ಟೆ. ದಶಮಾಂಶಕ್ಕೆ ಚುಕ್ಕೆಯೋ ಕಾಮಾವೋ ಎಂಬ ವ್ಯಾಜ್ಯವನ್ನು 2003ರ ತೂಕ-ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯೇ ಎರಡೂ ಸರಿ ಎಂದು ಮುಗಿಸಿದೆ. ಆದರೆ ಅಂಕಿಗಳನ್ನು ಮೂರು ಮೂರಾಗಿ ಗುಂಪು ಮಾಡಲು ಅವೆರಡನ್ನೂ ಬಳಸಬಾರದು ಎಂದೂ ಅದೇ ಹೇಳಿದೆ. ಆದ್ದರಿಂದ ಸಿಎಸ್‌ವಿಯಲ್ಲಿ ಸಾವಿರಕ್ಕೂ ಲಕ್ಷಕ್ಕೂ ಯಾವ ಗುರುತೂ ಬೇಡ: 1280 ಎಂದರೆ 1280. ದಿನಾಂಕ 2024-04-03 ಎಂದಿರಲಿ. ಸಾಧ್ಯವಿದ್ದರೆ ಸಿಎಸ್‌ವಿ ಬಿಟ್ಟು .xlsx ಕಳಿಸಿ. ಜೊತೆಯ ಪತ್ರದಲ್ಲಿ ಸಾಲುಗಳೆಷ್ಟು, ಪ್ರತಿ ಕಾಲಮ್ಮಿನ ಮೊತ್ತವೆಷ್ಟು ಎಂದು ಒಂದು ಸಾಲು ಬರೆಯಿರಿ. ನಮ್ಮ ಉದಾಹರಣೆಯಲ್ಲಿ 1,600 ಮೂಟೆ, 96 ಟನ್ ಎಂದು ಆ ಪತ್ರದಲ್ಲಿದ್ದಿದ್ದರೆ, ಶೀಟು ತೋರಿಸಿದ 321.28 ಮೂಟೆ, 96,000 ಟನ್ ಅದೇ ನಿಮಿಷಕ್ಕೆ ಸಿಕ್ಕಿಬೀಳುತ್ತಿತ್ತು.